ಮುಖ ಮುಚ್ಚಿ, ಕೈ ನೋಡಿ

2009ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಒಂದು ಫೋಟೊಗಾಗಿ ಕ್ಷಮೆ ಕೇಳಬೇಕಾಯಿತು. ಅದರ ಅಮೆರಿಕದ ವೆಬ್‌ಸೈಟಿನಲ್ಲಿ ಮೇಜಿನ ಮುಂದೆ ಮೂವರು ಕೂತಿದ್ದ ಚಿತ್ರವಿತ್ತು. ಒಬ್ಬ ಏಷ್ಯಾ ಮೂಲದವನು, ಒಬ್ಬ ಕಪ್ಪು ವರ್ಣೀಯ, ಒಬ್ಬಳು ಬಿಳಿಯ ಮಹಿಳೆ. ಇದೇ ಚಿತ್ರ ಪೋಲೆಂಡಿನ ವೆಬ್‌ಸೈಟಿಗೆ ಬರುವಷ್ಟರಲ್ಲಿ ಕಪ್ಪು ವರ್ಣೀಯನ ಕತ್ತಿನ ಮೇಲೆ ಬಿಳಿಯನೊಬ್ಬನ ತಲೆ ಕೂತಿತ್ತು. ತಲೆ ಬದಲಿಸಿದವರು ಕೈಯನ್ನು ಮರೆತಿದ್ದರು, ಅದು ಕಪ್ಪಾಗಿಯೇ ಉಳಿದಿತ್ತು. ಸುದ್ದಿ ಜಗತ್ತನ್ನೆಲ್ಲ ಸುತ್ತಿತು, ಕಂಪನಿ ಹಳೆಯ ಚಿತ್ರವನ್ನೇ ಮತ್ತೆ ಹಾಕಿತು.

ಇದನ್ನು ವರ್ಣಭೇದ ಎಂದು ಬೈದು ಸುಮ್ಮನಾಗಬಹುದು. ಆದರೆ ನನ್ನನ್ನು ಕಾಡುವುದು ಬೇರೆ ಪ್ರಶ್ನೆ: ತಲೆ ಬದಲಿಸಿದರೂ ಚಿತ್ರದ ಅರ್ಥ ಒಂದಿಷ್ಟೂ ಬದಲಾಗಲಿಲ್ಲವಲ್ಲ, ಯಾಕೆ? ಆ ಮೂವರು ಏನನ್ನೂ ಮಾಡುತ್ತಿರಲಿಲ್ಲ. ಮೇಜಿನ ಮುಂದೆ ಕೂತು ಹಸನ್ಮುಖರಾಗಿದ್ದರು, ಅಷ್ಟೇ. ಕೆಲಸವೇ ಇಲ್ಲದ ಚಿತ್ರದಲ್ಲಿ ಯಾರ ತಲೆ ಇದ್ದರೂ ನಡೆಯುತ್ತದೆ.

ವೆಬ್‌ಸೈಟ್ ತೆರೆದೊಡನೆ ಪರದೆಯ ಉದ್ದಗಲಕ್ಕೂ ಹರಡಿಕೊಳ್ಳುವ ಮೊದಲ ದೊಡ್ಡ ಚಿತ್ರವನ್ನು ಆ ಕ್ಷೇತ್ರದವರು ಹೀರೋ ಇಮೇಜ್ ಎನ್ನುತ್ತಾರೆ. ಸಾಫ್ಟ್‌ವೇರ್ ಕಂಪನಿಗಳಿಗೆ ಇದೊಂದು ತಲೆನೋವು. ತಾವು ಮಾಡುವ ವಸ್ತು ಕಣ್ಣಿಗೆ ಕಾಣುವಂಥದ್ದಲ್ಲ, ಹಾಗಾಗಿ ಮಾಡುವ ಜನರನ್ನೇ ತೋರಿಸಲು ಹೊರಡುತ್ತಾರೆ. ಸ್ವಂತ ಫೋಟೊ ತೆಗೆಸಲು ಪುರುಸೊತ್ತಿಲ್ಲದಾಗ ಸ್ಟಾಕ್ ಫೋಟೊ ಕೊಳ್ಳುತ್ತಾರೆ, ಅಂದರೆ ಯಾರೋ ಮೊದಲೇ ತೆಗೆದು ಮಾರಾಟಕ್ಕಿಟ್ಟ ಚಿತ್ರ. ಒಂದೇ ಲ್ಯಾಪ್‌ಟಾಪ್‌ಗೆ ಮುಗಿಬಿದ್ದು ನಗುವ ಐವರು, ಗಾಜಿನ ಗೋಡೆಯ ಮೇಲೆ ಬರೆಯುವ ಒಬ್ಬ, ಪರದೆಯತ್ತ ಪೆನ್ನು ತೋರಿಸುವ ಇನ್ನೊಬ್ಬ. ಇವರನ್ನೆಲ್ಲ ನೀವು ನೋಡಿಯೇ ಇರುತ್ತೀರಿ.

ಈ ಚಿತ್ರಗಳು ಹೀಗಿರುವುದಕ್ಕೆ ಛಾಯಾಗ್ರಾಹಕನ ದಡ್ಡತನ ಕಾರಣವಲ್ಲ. ಅವನಿಗೆ ಒಂದೇ ಚಿತ್ರ ಬ್ಯಾಂಕಿಗೂ ಆಸ್ಪತ್ರೆಗೂ ಸಾಫ್ಟ್‌ವೇರ್ ಕಂಪನಿಗೂ ಮಾರಾಟವಾಗಬೇಕು. ಆದ್ದರಿಂದ ಯಾವ ಕೆಲಸವೆಂದು ಗೊತ್ತಾಗುವ ಎಲ್ಲ ಗುರುತುಗಳನ್ನೂ ಅವನು ಬೇಕೆಂದೇ ಅಳಿಸುತ್ತಾನೆ. ಪ್ರೆಸ್ಸಿನಲ್ಲಿ ಮದುವೆ ಕರೆಯೋಲೆಗೆಂದು ಇಟ್ಟುಕೊಂಡ ಗಣಪತಿಯ ಅಚ್ಚಿನಂತೆ ಅದು ಯಾರ ಮನೆಯ ಮದುವೆಗಾದರೂ ಸೈ. 2004ರಲ್ಲಿ ಡೆಲ್ ಮತ್ತು ಗೇಟ್‌ವೇ ಎಂಬ ಎರಡು ಪ್ರತಿಸ್ಪರ್ಧಿ ಕಂಪ್ಯೂಟರ್ ಕಂಪನಿಗಳ ಜಾಹೀರಾತಿನಲ್ಲಿ ಒಬ್ಬಳೇ ಹುಡುಗಿ ಕಾಣಿಸಿಕೊಂಡಳು. ಆಮೇಲೆ ಜನ ಹುಡುಕಿದಷ್ಟೂ ಅವಳ ಚಿತ್ರ ಪುಸ್ತಕದ ಹೊದಿಕೆಗಳಲ್ಲಿ, ಬೇರೆ ಬೇರೆ ಜಾಹೀರಾತುಗಳಲ್ಲಿ ಸಿಗುತ್ತಲೇ ಹೋಯಿತು.

ನೋಡುವವರು ಇಂಥ ಚಿತ್ರಗಳನ್ನು ಬೈಯುವುದೂ ಇಲ್ಲ, ಸುಮ್ಮನೆ ದಾಟಿ ಹೋಗುತ್ತಾರೆ. ವೆಬ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 2010ರಲ್ಲಿ ಓದುಗರ ಕಣ್ಣು ಪುಟದ ಮೇಲೆ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಅಳೆದು ವರದಿ ಬರೆದರು. ಅಲಂಕಾರಕ್ಕೆಂದು ತುಂಬಿದ ಚಿತ್ರಗಳ ಮೇಲೆ ಕಣ್ಣು ನಿಲ್ಲಲೇ ಇಲ್ಲ. ಆದರೆ ಫ್ರೆಶ್‌ಬುಕ್ಸ್ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್ ಕಂಪನಿ ತನ್ನ ನಿಜವಾದ ನೌಕರರ ಭಾವಚಿತ್ರ ಹಾಕಿದ್ದ ಪುಟದಲ್ಲಿ ಕತೆ ಬೇರೆಯಾಗಿತ್ತು. ಅಲ್ಲಿ ಪರಿಚಯದ ಬರಹ ಚಿತ್ರಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ತಿಂದಿತ್ತು, ಆದರೂ ಜನ ಹೆಚ್ಚು ಹೊತ್ತು ನೋಡಿದ್ದು ಮುಖಗಳನ್ನೇ.

ಹಾಗಾದರೆ ಪರಿಹಾರ ಸುಲಭ, ನಮ್ಮ ನೌಕರರನ್ನೇ ಸಾಲಾಗಿ ನಿಲ್ಲಿಸಿ ಕ್ಲಿಕ್ಕಿಸಿದರಾಯಿತು ಎನ್ನಬೇಡಿ. ಸ್ಟಾಕ್ ಫೋಟೊ ನೋಡಿ ನೋಡಿ ನಮ್ಮ ಮೈಗೇ ಆ ಭಂಗಿ ಅಂಟಿಬಿಟ್ಟಿದೆ. ಕ್ಯಾಮೆರಾ ಕಂಡೊಡನೆ ಹುಡುಗ ಕೀಬೋರ್ಡಿನ ಮುಂದೆ ಕೂರುತ್ತಾನೆ, ಹುಡುಗಿ ಹಿಂದೆ ನಿಂತು ಬಗ್ಗಿ ನೋಡುತ್ತಾಳೆ, ಕಪ್ಪು ಮೈಬಣ್ಣದವನು ಅಂಚಿನಲ್ಲಿ ಮಸುಕಾಗಿ ನಗುತ್ತಾನೆ. ಎಣಿಕೆಗೆ ಎಲ್ಲರೂ ಇದ್ದಾರೆ, ಕೆಲಸ ಮಾತ್ರ ಒಬ್ಬನದು. ಇದನ್ನು ಹಿಡಿಯಲು ಒಂದು ಸರಳ ಪರೀಕ್ಷೆಯಿದೆ. ಚಿತ್ರದಲ್ಲಿನ ಮುಖಗಳನ್ನೆಲ್ಲ ಮುಚ್ಚಿ ಕೈಗಳನ್ನಷ್ಟೇ ನೋಡಿ. ಕೀಬೋರ್ಡಿನ ಮೇಲಿರುವುದು ಯಾರ ಕೈ? ಮಾರ್ಕರ್ ಹಿಡಿದದ್ದು ಯಾರು, ಕಾಫಿ ಲೋಟ ಹಿಡಿದದ್ದು ಯಾರು? ಬಗೆಬಗೆಯ ಜನ ಒಟ್ಟಿಗೆ ದುಡಿಯುತ್ತಾರೆ ಎಂಬ ಮಾತು ನಿಜವೋ ಸುಳ್ಳೋ ಅಲ್ಲೇ ತಿಳಿಯುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಬೆಂಗಳೂರಿನಲ್ಲಿ ಔಷಧಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ನಲವತ್ತು ಜನರ ಒಂದು ಕಂಪನಿ ಇದೆ ಎಂದುಕೊಳ್ಳಿ. ಫೋಟೊ ತೆಗೆಯುವ ದಿನಕ್ಕೆ ಮೊದಲು ಕೇಳಬೇಕಾದ್ದು ‘ಯಾರು ಚೆನ್ನಾಗಿ ಕಾಣುತ್ತಾರೆ’ ಎಂದಲ್ಲ, ‘ಈ ವಾರ ಇಲ್ಲಿ ಏನು ನಡೆದಿದೆ’ ಎಂದು. ಅವಧಿ ಮುಗಿದ ಮಾತ್ರೆಯ ಪಟ್ಟಿ ತಪ್ಪಾಗಿ ಬರುತ್ತಿದೆ ಎಂದು ಅಂಗಡಿಯೊಂದರಿಂದ ದೂರು ಬಂದಿದೆ. ಐವತ್ತು ದಾಟಿದ, ಹಿಂದೆ ತಾನೇ ಔಷಧಿ ಅಂಗಡಿಯಲ್ಲಿ ದುಡಿದು ಈಗ ಗ್ರಾಹಕರ ವಿಭಾಗ ನೋಡಿಕೊಳ್ಳುವ ಹೆಂಗಸು ನಿಜವಾದ ಮಾತ್ರೆಯ ಪಟ್ಟಿ ಹಿಡಿದು, ದಿನಾಂಕ ಎಲ್ಲಿ ಅಚ್ಚಾಗಿರುತ್ತದೆ ಎಂದು ತೋರಿಸುತ್ತಿದ್ದಾರೆ. ಕೋಡ್ ಬರೆಯುವ ಹುಡುಗಿ ಟೈಪ್ ಮಾಡುತ್ತಲೇ ಕೇಳಿಸಿಕೊಳ್ಳುತ್ತಿದ್ದಾಳೆ. ಪಕ್ಕದಲ್ಲಿ ಹೆಡ್‌ಫೋನ್ ಹಾಕಿಕೊಂಡ ಸಹೋದ್ಯೋಗಿ ಒಂದು ಕಿವಿ ಬಿಡಿಸಿಕೊಂಡು ಇತ್ತ ತಿರುಗಿದ್ದಾನೆ. ಅವನಿಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎಯಂಥ ಪರದೆ ಓದುವ ತಂತ್ರಾಂಶದ ದನಿ ಕೇಳುತ್ತಲೇ ಕೆಲಸ ಮಾಡುತ್ತಾನೆ, ಹಾಗಾಗಿ ಅವನ ಮಾನಿಟರ್ ಆರಿದೆ. ಆ ಆರಿದ ಮಾನಿಟರನ್ನು ಯಾವ ಸ್ಟಾಕ್ ಫೋಟೊದವನೂ ಊಹಿಸಿಕೊಳ್ಳಲಾರ. ಅಂಗವೈಕಲ್ಯ ತೋರಿಸಬೇಕೆಂದರೆ ಅವನು ಮಾಡೆಲ್ ಒಬ್ಬನನ್ನು ಆಸ್ಪತ್ರೆಯ ಗಾಲಿಕುರ್ಚಿಯಲ್ಲಿ ಕೂರಿಸುತ್ತಾನೆ. ದಿನವೂ ಗಾಲಿಕುರ್ಚಿ ಬಳಸುವವರು ಅದನ್ನು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ.

ನಗಿ ಎಂದು ಯಾರಿಗೂ ಹೇಳಬೇಡಿ. ನಿಜವಾದ ಕೆಲಸ ಕೊಟ್ಟು ಬಿಟ್ಟರೆ ಒಂದಷ್ಟು ಹೊತ್ತಿನ ಮೇಲೆ ಕ್ಯಾಮೆರಾ ಇರುವುದೇ ಮರೆತುಹೋಗುತ್ತದೆ.

ಇನ್ನು ಬೆಳಕು. ಕಪ್ಪು ಮತ್ತು ಬಿಳಿ ಮೈಬಣ್ಣದವರು ಒಂದೇ ಚೌಕಟ್ಟಿನಲ್ಲಿದ್ದಾಗ ಬಿಳಿಯವರಿಗೆ ಹೊಂದುವಂತೆ ಬೆಳಕು ಅಳೆದರೆ ಇನ್ನೊಬ್ಬರ ಮುಖ ಕತ್ತಲೆಯಲ್ಲಿ ಕರಗುತ್ತದೆ. ಇದಕ್ಕೊಂದು ಇತಿಹಾಸವೂ ಇದೆ. ಬಣ್ಣದ ಫಿಲ್ಮಿನ ಕಾಲದಲ್ಲಿ ಕೊಡಕ್ ಕಂಪನಿ ಲ್ಯಾಬುಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ ಎಂಬ ಮಾದರಿ ಚಿತ್ರದಲ್ಲಿ ಇದ್ದದ್ದು ಬಿಳಿಯ ಹೆಣ್ಣು. ದಶಕಗಳ ಕಾಲ ಬಣ್ಣ ಹೊಂದಿಸಿದ್ದು ಅವಳ ಚರ್ಮಕ್ಕೆ. ಈಗಿನ ಉಪಾಯ ಸರಳ. ಕಪ್ಪು ಮೈಬಣ್ಣದವರನ್ನು ಕಿಟಕಿಗೆ ಹತ್ತಿರ ಕೂರಿಸಿ, ಬಿಳಿ ಮೈಬಣ್ಣದವರನ್ನು ತುಸು ಒಳಗೆ. ಕಿಟಕಿಯ ಬೆಳಕು ಸಾಲುವಂತಿದ್ದರೆ ಸೂರಿನ ದೀಪ ಆರಿಸಿ, ಎರಡು ಬಗೆಯ ಬೆಳಕು ಬೆರೆತರೆ ಅರ್ಧ ಮುಖ ಹಸಿರಿಗೆ ತಿರುಗುತ್ತದೆ. ಆರಿಸಲಾಗದಿದ್ದರೆ ಶಟರ್ ವೇಗ ಸೆಕೆಂಡಿನ ನೂರರಲ್ಲೊಂದು ಭಾಗಕ್ಕೆ ಇಡಿ. ನಮ್ಮ ವಿದ್ಯುತ್ತು ಐವತ್ತು ಹರ್ಟ್ಸಿನದಾದ್ದರಿಂದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ, ಅದಕ್ಕಿಂತ ವೇಗವಾಗಿ ತೆಗೆದರೆ ಚಿತ್ರದಲ್ಲಿ ಪಟ್ಟೆ ಮೂಡುತ್ತದೆ.

ಪರದೆಯ ಮೇಲೆ ಏನಿದೆ ಎಂದೂ ನೋಡಿಕೊಳ್ಳಿ. 2018ರಲ್ಲಿ ಹವಾಯಿಯಲ್ಲಿ ಕ್ಷಿಪಣಿ ಬರುತ್ತಿದೆ ಎಂಬ ಸುಳ್ಳು ಎಚ್ಚರಿಕೆ ಹೊರಟ ಮೇಲೆ, ಆ ತುರ್ತು ಕಚೇರಿಯ ಹಳೆಯ ಪತ್ರಿಕಾ ಫೋಟೊವೊಂದನ್ನು ಜನ ಹಿಗ್ಗಿಸಿ ನೋಡಿದರು. ಮಾನಿಟರಿಗೆ ಅಂಟಿಸಿದ್ದ ಚೀಟಿಯಲ್ಲಿ ಪಾಸ್‌ವರ್ಡ್ ಇತ್ತು. ನಮ್ಮ ಔಷಧಿ ಕಂಪನಿಯ ಪರದೆಯಲ್ಲಂತೂ ರೋಗಿಗಳ ಹೆಸರೇ ಇರಬಹುದು. ಮುಂಚೆಯೇ ಕಾಲ್ಪನಿಕ ಹೆಸರುಗಳನ್ನು ತುಂಬಿಡಬೇಕು.

ಇಷ್ಟೆಲ್ಲ ಮಾಡಿಯೂ ಚಿತ್ರ ಕೆಡುವ ಜಾಗ ಇನ್ನೊಂದಿದೆ, ಅದು ಕತ್ತರಿ. ಕ್ಯಾಮೆರಾದಿಂದ ಬಂದ ಚಿತ್ರ 6000 ಪಿಕ್ಸೆಲ್ ಅಗಲ, 4000 ಎತ್ತರ ಇದೆ ಎನ್ನಿ. ಕಂಪ್ಯೂಟರಿನಲ್ಲಿ ಅದನ್ನು ಅಗಲವಾದ ಪಟ್ಟಿಯಾಗಿ ತೋರಿಸುವಾಗ ಮೇಲೆ ಕೆಳಗೆ ಸ್ವಲ್ಪ ಹೋಗುತ್ತದೆ, ಜನ ಉಳಿಯುತ್ತಾರೆ. ಮೊಬೈಲಿನಲ್ಲಿ ಚೌಕಟ್ಟು ನೆಟ್ಟಗೆ ನಿಲ್ಲುತ್ತದೆ. ಮೂರಕ್ಕೆ ನಾಲ್ಕರ ಪ್ರಮಾಣವಾದರೆ 3000 ಪಿಕ್ಸೆಲ್ ಅಗಲ ಮಾತ್ರ ಉಳಿದು ಅರ್ಧ ಚಿತ್ರವೇ ಮಾಯವಾಗುತ್ತದೆ. ಕತ್ತರಿಸುವುದು ಮನುಷ್ಯನಲ್ಲ, ನಡುವಿನ ಭಾಗ ಇಟ್ಟುಕೊಂಡು ಎರಡೂ ಬದಿ ಕೊಯ್ಯುವ ಬ್ರೌಸರು. ಮಾತ್ರೆಯ ಪಟ್ಟಿ ಹಿಡಿದ ಹೆಂಗಸು ಎಡ ಅಂಚಿನಲ್ಲಿ, ಹೆಡ್‌ಫೋನಿನವನು ಬಲ ಅಂಚಿನಲ್ಲಿ ಇದ್ದರೆ ಮೊಬೈಲಿನಲ್ಲಿ ನೋಡಿದವನಿಗೆ ಕಾಣುವುದು ಒಬ್ಬಳೇ ಹುಡುಗಿ. ನಮ್ಮಲ್ಲಿ ವೆಬ್‌ಸೈಟ್ ನೋಡುವ ಬಹುಪಾಲು ಜನ ಮೊಬೈಲಿನಲ್ಲೇ ನೋಡುತ್ತಾರೆ. ಆದ್ದರಿಂದ ಮೊಬೈಲಿಗೆಂದೇ ಬೇರೆ ಚಿತ್ರ ತೆಗೆಯಬೇಕು, ಮೂವರನ್ನೂ ಒತ್ತಾಗಿ, ಹಿಂದೆ ಮುಂದೆ ಕೂರಿಸಿ. ಯಾವ ಪರದೆಗೆ ಯಾವ ಚಿತ್ರವೆಂದು ಹೇಳಲು ಎಚ್‌ಟಿಎಂಎಲ್‌ನಲ್ಲಿ `<picture>` ಎಂಬ ಟ್ಯಾಗ್ ಇದೆ. ಶೀರ್ಷಿಕೆಗೆ ಬೇಕಾದ ಖಾಲಿ ಗೋಡೆಯನ್ನೂ ಫೋಟೊ ತೆಗೆಯುವಾಗಲೇ ಬಿಟ್ಟುಕೊಳ್ಳಿ. ಇಲ್ಲವಾದರೆ ಕೊನೆಗೆ ಅಕ್ಷರ ಯಾರದೋ ಹಣೆಯ ಮೇಲೆ ಕೂರುತ್ತದೆ.

ಕಂಪನಿಯಲ್ಲಿ ಹೆಂಗಸರೇ ಇಲ್ಲದಿದ್ದರೆ? ಆಗ ಬೇರೆಡೆಯಿಂದ ತಂದು ತೋರಿಸಬೇಡಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯ 2000ರಲ್ಲಿ ತನ್ನ ಪ್ರವೇಶ ಪುಸ್ತಿಕೆಯ ಹೊದಿಕೆಯಲ್ಲಿದ್ದ ಬಿಳಿಯರ ಗುಂಪಿಗೆ ಒಬ್ಬ ಕಪ್ಪು ವಿದ್ಯಾರ್ಥಿಯ ಮುಖ ಅಂಟಿಸಿತ್ತು. ಗುಂಪು ನೋಡುತ್ತಿದ್ದದ್ದು ಫುಟ್‌ಬಾಲ್ ಪಂದ್ಯ, ಆ ಹುಡುಗ ಅಂಥ ಪಂದ್ಯಕ್ಕೇ ಹೋದವನಲ್ಲ. ಸಿಕ್ಕಿಬಿದ್ದ ಮೇಲೆ ಮೊಕದ್ದಮೆಯೂ ನಡೆಯಿತು. ಇಲ್ಲದ ಜನರನ್ನು ತೋರಿಸುವ ಬದಲು ಸಾಫ್ಟ್‌ವೇರ್ ಬಳಸುವ ಅಂಗಡಿಯನ್ನೇ ತೋರಿಸಿ. ಭಾರತದಲ್ಲಿ ಇನ್ನೊಂದು ತೊಡಕೂ ಇದೆ. ಇಲ್ಲಿ ಕಂಪನಿಯ ಬಾಗಿಲಲ್ಲಿ ಜನರನ್ನು ತಡೆಯುವ ಜಾತಿ, ಊರು, ಓದಿದ ಮಾಧ್ಯಮ ಯಾವುವೂ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಫೋಟೊದಲ್ಲಿ ಸೀರೆ, ಹಿಜಾಬ್, ಬಿಳಿಗೂದಲು ಎಲ್ಲ ಇದ್ದೂ ನಲವತ್ತೂ ಜನ ನಾಲ್ಕೇ ಕಾಲೇಜಿನಿಂದ ಬಂದಿರಬಹುದು.

ಸ್ವಂತ ಫೋಟೊಗೆ ದುಡ್ಡಿಲ್ಲದ ಸಣ್ಣವರಿಗೆ ಒಂದು ದಾರಿ 2015ರಲ್ಲಿ ತೆರೆಯಿತು. ಅಮೆರಿಕದಲ್ಲಿ ತಂತ್ರಜ್ಞಾನದ ಕೆಲಸದಲ್ಲಿದ್ದ ಸ್ಟೆಫನಿ ಮೊರಿಲ್ಲೊ ಮತ್ತು ಕ್ರಿಸ್ಟಿನಾ ಮೊರಿಲ್ಲೊ ತಮ್ಮಂಥ ಬಿಳಿಯರಲ್ಲದ ಹೆಂಗಸರೇ ಕೋಡ್ ಬರೆಯುವ, ಚರ್ಚಿಸುವ ನೂರಾರು ಚಿತ್ರಗಳನ್ನು ತೆಗೆಸಿ ಉಚಿತವಾಗಿ ಹಂಚಿದರು. ಚಿತ್ರದಲ್ಲಿದ್ದವರೂ ನಿಜವಾಗಿ ಆ ಕೆಲಸ ಮಾಡುವವರೇ. ಲೇಖನಕ್ಕೆ, ತರಬೇತಿಯ ಪಾಠಕ್ಕೆ ಅವು ಚೆನ್ನಾಗಿ ಒದಗುತ್ತವೆ. ‘ಇದು ನಮ್ಮ ತಂಡ’ ಎಂಬ ಸಾಲಿನ ಕೆಳಗೆ ಹಾಕಿದರೆ ಮಾತ್ರ ಅದೂ ಪೋಲೆಂಡಿನ ಕತೆಯೇ.

ಸ್ವಂತ ನೌಕರರ ಚಿತ್ರಕ್ಕೆ ಅವರ ಒಪ್ಪಿಗೆ ಬೇಕು, ಎಲ್ಲೆಲ್ಲಿ, ಎಲ್ಲಿಯವರೆಗೆ ಬಳಸುತ್ತೇವೆ ಎಂದು ಬರೆದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಕೊಟ್ಟಷ್ಟೇ ಸಲೀಸಾಗಿ ಅದನ್ನು ಹಿಂದಕ್ಕೆ ಪಡೆಯಲೂ ಆಗಬೇಕು ಎನ್ನುತ್ತದೆ. ಸಂಬಳ ಕೊಡುವವರು ಕೇಳಿದಾಗ ‘ಬೇಡ’ ಎನ್ನುವುದು ಕಷ್ಟ, ಹಾಗಾಗಿ ಮೇಲಧಿಕಾರಿಯ ಬದಲು ಬೇರೆ ಯಾರಾದರೂ ಕೇಳುವುದು ಒಳ್ಳೆಯದು. ಜನ ಕೆಲಸ ಬಿಡುತ್ತಲೂ ಇರುತ್ತಾರೆ. ಹನ್ನೆರಡು ಜನರ ದೊಡ್ಡ ಗುಂಪಿನ ಚಿತ್ರ ಹಾಕಿದರೆ ಒಬ್ಬರು ಹೋದಾಗ ಇಡೀ ಚಿತ್ರ ತೆಗೆಯಬೇಕಾಗುತ್ತದೆ. ಇಬ್ಬರು ಮೂವರಿರುವ ಐದಾರು ಬೇರೆ ಬೇರೆ ಚಿತ್ರಗಳನ್ನು ಅದೇ ದಿನ, ಅದೇ ಬೆಳಕಿನಲ್ಲಿ ತೆಗೆದಿಟ್ಟುಕೊಂಡವರು ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಿ ಮುಂದೆ ಹೋಗುತ್ತಾರೆ.