ನೀರಿನ ಸಾಲು, ರಸ್ತೆಯ ಸಾಲು

2004ರ ಸೆಪ್ಟೆಂಬರಿನಲ್ಲಿ ‘ಎಕನೊಮೆಟ್ರಿಕಾ’ ಎಂಬ ಅರ್ಥಶಾಸ್ತ್ರದ ನಿಯತಕಾಲಿಕದಲ್ಲಿ ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಬರೆದ ಪೇಪರ್ ಒಂದು ಬಂತು. ಹೆಸರು ‘ವಿಮೆನ್ ಆ್ಯಸ್ ಪಾಲಿಸಿ ಮೇಕರ್ಸ್’. ಗ್ರಾಮ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಹೆಂಗಸಿಗೆ ಮೀಸಲಾದರೆ ಊರಿನ ಕೆಲಸಗಳಲ್ಲಿ ಏನಾದರೂ ವ್ಯತ್ಯಾಸ ಕಾಣುತ್ತದೆಯೇ ಎಂಬುದು ಅದರ ಪ್ರಶ್ನೆ. ಅಭಿವೃದ್ಧಿ ಅರ್ಥಶಾಸ್ತ್ರ ಓದುವವರ ಸೆಮಿನಾರಿಗೆ ಹೇಳಿ ಮಾಡಿಸಿದಂಥ ಪೇಪರ್ ಇದು. ಪುಟ ಮೂವತ್ತೈದು, ಮಾತಾಡಲು ಸಿಗುವ ಸಮಯ ಸಾಮಾನ್ಯವಾಗಿ ಇಪ್ಪತ್ತು ನಿಮಿಷ. ನಡುವೆ ಒಂದು ಗಣಿತದ ಮಾದರಿ, ಆಮೇಲೆ ಸಾಲುಸಾಲು ಕೋಷ್ಟಕ.

ಇಂಥ ಪೇಪರ್ ಕೈಗೆ ಬಂದ ವಿದ್ಯಾರ್ಥಿ ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ. ಮೊದಲ ಪುಟದಿಂದ ಹೊರಟು, ಭಾಗಕ್ಕೆ ಎರಡೆರಡು ಸ್ಲೈಡಿನಂತೆ ಪೇಪರನ್ನೇ ಚಿಕ್ಕದು ಮಾಡುತ್ತಾ ಹೋಗುವುದು. ಪಂಚಾಯಿತಿ ವ್ಯವಸ್ಥೆಯ ಇತಿಹಾಸಕ್ಕೆ ಐದು ನಿಮಿಷ, ಮಾದರಿಯ ಸಮೀಕರಣಗಳಿಗೆ ಎಂಟು ನಿಮಿಷ. ಕೋಷ್ಟಕಗಳ ಹತ್ತಿರ ಬರುವಷ್ಟರಲ್ಲಿ ಮೇಷ್ಟ್ರು ಗಡಿಯಾರ ನೋಡುತ್ತಿರುತ್ತಾರೆ. ಪೇಪರಿನ ಜೀವ ಇರುವುದೇ ಆ ಕೋಷ್ಟಕಗಳಲ್ಲಿ, ಅದರಲ್ಲೂ ಎರಡೇ ಸಾಲುಗಳಲ್ಲಿ. ಒಂದು ನೀರಿನದು, ಇನ್ನೊಂದು ರಸ್ತೆಯದು. ಕೇಳುವವರಿಗೆ ಅವು ದಕ್ಕುವುದೇ ಇಲ್ಲ.

ಹಾಗಾಗಬಾರದೆಂದರೆ ಓದುವ ಕ್ರಮವನ್ನೇ ಬದಲಿಸಬೇಕು. ಮೊದಲು ಸಾರಾಂಶ ಮತ್ತು ಪೀಠಿಕೆ. ಆಮೇಲೆ ಮಾದರಿಯನ್ನು ದಾಟಿ ನೇರವಾಗಿ ಕೋಷ್ಟಕಗಳಿಗೆ. ಅಲ್ಲಿಂದ ಹಿಂದಕ್ಕೆ ಬಂದು, ದತ್ತಾಂಶವನ್ನು ಎಲ್ಲಿಂದ ಹೇಗೆ ತಂದರು ಎಂಬ ಭಾಗ. ಮಾದರಿಯ ಸರದಿ ಕೊನೆಗೆ. ಹೀಗೆ ಓದುವಾಗ ಹುಡುಕಬೇಕಾದದ್ದು ಒಂದೇ: ಯಾವುದನ್ನು ಯಾವುದರ ಜೊತೆ ಹೋಲಿಸಿದ್ದಾರೆ? ಇದಕ್ಕೆ ಉತ್ತರವನ್ನು ಒಂದು ವಾಕ್ಯದಲ್ಲಿ ಬರೆಯಲು ಬರುವತನಕ ಸ್ಲೈಡ್ ಮಾಡಲು ಕೂರಬಾರದು.

ಈ ಪೇಪರಿನಲ್ಲಿ ಆ ಉತ್ತರ ಚೆಂದವಾಗಿದೆ. ಸಂವಿಧಾನದ 73ನೇ ತಿದ್ದುಪಡಿಯಂತೆ ಪಂಚಾಯಿತಿ ಅಧ್ಯಕ್ಷ ಸ್ಥಾನಗಳಲ್ಲಿ ಮೂರನೇ ಒಂದು ಭಾಗ ಹೆಂಗಸರಿಗೆ ಮೀಸಲು. ಹೆಂಗಸನ್ನು ತಾವಾಗಿಯೇ ಆರಿಸಿಕೊಂಡ ಊರನ್ನು ಗಂಡಸನ್ನು ಆರಿಸಿಕೊಂಡ ಊರಿನ ಜೊತೆ ಹೋಲಿಸಿದ್ದರೆ ಯಾರೂ ಒಪ್ಪುತ್ತಿರಲಿಲ್ಲ. ಹೆಂಗಸಿಗೆ ಮತ ಹಾಕುವ ಊರು ಮೊದಲೇ ಬೇರೆ ಥರದ್ದಾಗಿರಬಹುದು, ಅಲ್ಲಿ ನೀರಿನ ಕೆಲಸ ಹೇಗಿದ್ದರೂ ಆಗುತ್ತಿತ್ತೇನೋ. ಆದರೆ ಯಾವ ಪಂಚಾಯಿತಿಗೆ ಮೀಸಲಾತಿ ಎಂಬುದನ್ನು ಊರಿನವರು ತೀರ್ಮಾನಿಸಲಿಲ್ಲ. ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯಲ್ಲಿ ಪಂಚಾಯಿತಿಗಳನ್ನು ಸರ್ಕಾರಿ ಕ್ರಮಸಂಖ್ಯೆಯಂತೆ ಜೋಡಿಸಿ, ಮೂರಕ್ಕೊಂದರಂತೆ ಗುರುತು ಹಾಕಿದರು. ಚೀಟಿ ಎತ್ತಿದ ಹಾಗೆ. ಆದ್ದರಿಂದ ಮೀಸಲಾದ ಊರುಗಳಿಗೂ ಮೀಸಲಾಗದ ಊರುಗಳಿಗೂ ಮೊದಲಿನಿಂದ ಇರುವ ಭೇದ ಸರಾಸರಿಯಲ್ಲಿ ಅಳಿಸಿಹೋಗುತ್ತದೆ. ಆಮೇಲೆ ಕಂಡ ವ್ಯತ್ಯಾಸವನ್ನು ಮೀಸಲಾತಿಯ ಲೆಕ್ಕಕ್ಕೆ ಹಾಕಬಹುದು. ಬೀರಭೂಮ್ ಮತ್ತು ರಾಜಸ್ಥಾನದ ಉದಯಪುರ ಎರಡೂ ಸೇರಿ 265 ಪಂಚಾಯಿತಿಗಳ ಮಾಹಿತಿ ಇವರ ಕೈಯಲ್ಲಿತ್ತು.

ಇನ್ನು ನೀರಿನ ಸಾಲು. ಬೀರಭೂಮ್‌ನ ಮೀಸಲು ಪಂಚಾಯಿತಿಯ ಹಳ್ಳಿಯಲ್ಲಿ ಹೊಸದಾಗಿ ಕಟ್ಟಿದ ಅಥವಾ ರಿಪೇರಿಯಾದ ಕುಡಿಯುವ ನೀರಿನ ಸೌಲಭ್ಯಗಳು ಸರಾಸರಿ 23.83. ಮೀಸಲಲ್ಲದ ಕಡೆ 14.74. ವ್ಯತ್ಯಾಸ 9.09, ಅದರ ಜೊತೆಗೆ ಆವರಣದೊಳಗೆ 4.02 ಎಂಬ ಇನ್ನೊಂದು ಸಂಖ್ಯೆ. ಈ ಎರಡನೆಯ ಸಂಖ್ಯೆಯನ್ನು ಹೆಚ್ಚಿನವರು ಸ್ಲೈಡಿನಿಂದ ಅಳಿಸಿಬಿಡುತ್ತಾರೆ. ಅಳಿಸಬಾರದು. ಅದು ಪ್ರಮಾಣ ದೋಷ: ಬೇರೆ ಹಳ್ಳಿಗಳು ಆಯ್ಕೆಯಾಗಿದ್ದರೆ ಈ ವ್ಯತ್ಯಾಸ ಎಷ್ಟು ಅತ್ತಿತ್ತ ಹೊಯ್ದಾಡಬಹುದಿತ್ತು ಎಂಬುದರ ಅಳತೆ. ವ್ಯತ್ಯಾಸವು ಪ್ರಮಾಣ ದೋಷದ ಸುಮಾರು ಎರಡು ಪಟ್ಟಿಗಿಂತ ದೊಡ್ಡದಿದ್ದರೆ ಅದನ್ನು ಬರೀ ಆಕಸ್ಮಿಕ ಎಂದು ತಳ್ಳಿಹಾಕುವುದು ಕಷ್ಟ. ಇಲ್ಲಿ ಎರಡೂಕಾಲು ಪಟ್ಟು ಇದೆ. ಹಾಗೆಂದು ಆ ಒಂಬತ್ತನ್ನು ಕಲ್ಲಿನ ಮೇಲೆ ಕೆತ್ತಿದ ಒಂಬತ್ತು ಎಂದು ಹೇಳುವಂತಿಲ್ಲ. ನಿಜವಾದ ಸಂಖ್ಯೆ ಎರಡೂ ಇರಬಹುದು, ಹದಿನಾರೂ ಇರಬಹುದು. ‘ಹೆಚ್ಚಾಗಿದೆ’ ಎಂಬುದು ಗಟ್ಟಿ, ‘ಇಷ್ಟೇ ಹೆಚ್ಚಾಗಿದೆ’ ಎಂಬುದು ಅಷ್ಟು ಗಟ್ಟಿಯಲ್ಲ. ಸಾರಾಂಶದಲ್ಲಿ ಈ ಎರಡು ಮಾತನ್ನೂ ಬಿಡದೆ ಹೇಳಬೇಕು.

ಇಲ್ಲಿಗೇ ನಿಲ್ಲಿಸಿದರೆ ‘ಹೆಂಗಸರು ಅಧ್ಯಕ್ಷರಾದರೆ ನೀರು ಬರುತ್ತದೆ’ ಎಂಬ ಒಂದು ಸಾಲು ಉಳಿಯುತ್ತದೆ. ಪೇಪರನ್ನು ಅವಸರದಲ್ಲಿ ಓದಿದವರೆಲ್ಲ ಹೇಳುವುದು ಇದನ್ನೇ. ಇದು ಸುಳ್ಳಲ್ಲ, ಆದರೆ ಲೇಖಕರ ವಾದ ಇದಲ್ಲ.

ವಾದ ಇರುವುದು ರಸ್ತೆಯ ಸಾಲಿನಲ್ಲಿ. ಬಂಗಾಳದ ಮೀಸಲು ಪಂಚಾಯಿತಿಗಳಲ್ಲಿ ರಸ್ತೆಗಳು ಬೇರೆ ಕಡೆಗಿಂತ ಚೆನ್ನಾಗಿದ್ದವು. ರಾಜಸ್ಥಾನದಲ್ಲಿ ಮೀಸಲು ಪಂಚಾಯಿತಿಗಳಲ್ಲೇ ರಸ್ತೆ ಹಿಂದೆ ಬಿದ್ದಿತ್ತು. ಒಂದೇ ದೇಶ, ಒಂದೇ ಕಾನೂನು, ಫಲ ಮಾತ್ರ ತಿರುವುಮುರುವು. ಇದನ್ನು ಬಿಡಿಸಲು ಬೇಕಾದ ಕೀಲಿ ಇನ್ನೊಂದು ಕೋಷ್ಟಕದಲ್ಲಿದೆ. ಪಂಚಾಯಿತಿಗೆ ಬಂದ ದೂರು, ಬೇಡಿಕೆಗಳನ್ನು ಹೆಂಗಸರದು, ಗಂಡಸರದು ಎಂದು ಬೇರೆ ಮಾಡಿ ಎಣಿಸಿದ ಕೋಷ್ಟಕ ಅದು. ನೀರಿನ ಬಗ್ಗೆ ಎರಡೂ ರಾಜ್ಯಗಳಲ್ಲಿ ಹೆಂಗಸರದೇ ಹೆಚ್ಚು ದೂರು. ರಸ್ತೆಯ ವಿಷಯದಲ್ಲಿ ಮಾತ್ರ ಬಂಗಾಳದಲ್ಲಿ ಹೆಂಗಸರು ಮುಂದು, ರಾಜಸ್ಥಾನದಲ್ಲಿ ಗಂಡಸರು ಮುಂದು. ರಸ್ತೆ ಕೆಲಸದಲ್ಲಿ ಬಂಗಾಳದ ಹೆಂಗಸರಿಗೆ ಕೂಲಿ ಸಿಗುತ್ತಿತ್ತು. ರಾಜಸ್ಥಾನದಲ್ಲಿ ಕೆಲಸ ಹುಡುಕಿಕೊಂಡು ದೂರದೂರಿಗೆ ಹೋಗುವವರು ಗಂಡಸರು, ರಸ್ತೆ ಅವರಿಗೆ ಬೇಕಿತ್ತು. ಅಂದರೆ ಅಧ್ಯಕ್ಷೆಯರು ಎರಡೂ ಕಡೆ ಮಾಡಿದ್ದು ಒಂದೇ ಬಗೆಯ ಕೆಲಸ. ತಮ್ಮ ಊರಿನ ಹೆಂಗಸರು ಏನನ್ನು ಕೇಳುತ್ತಿದ್ದರೋ ಅದರ ಕಡೆಗೆ ಹಣ ತಿರುಗಿಸಿದರು.

ಈಗ ಗಣಿತದ ಮಾದರಿಗೆ ಮರಳಿದರೆ ಅದು ಯಾಕಿದೆ ಎಂದು ತಾನಾಗಿಯೇ ತಿಳಿಯುತ್ತದೆ. ಗೆಲ್ಲಬೇಕಾದವರು ನಡುವಿನ ಮತದಾರನಿಗೆ ಇಷ್ಟವಾದದ್ದನ್ನೇ ಮಾಡುತ್ತಾರೆ, ಹಾಗಾಗಿ ಕುರ್ಚಿಯಲ್ಲಿ ಯಾರು ಕೂತರೂ ಒಂದೇ ಎಂಬುದು ಅರ್ಥಶಾಸ್ತ್ರದ ಹಳೆಯ ವಾದ. ಆ ವಾದ ಪೂರ್ತಿ ನಿಜವಾಗಿದ್ದರೆ ಅಧ್ಯಕ್ಷ ಸ್ಥಾನದ ಮೀಸಲಾತಿಯಿಂದ ರಸ್ತೆಯೂ ಬದಲಾಗಬಾರದು, ನೀರೂ ಬದಲಾಗಬಾರದು. ಗೆದ್ದವರು ತಮ್ಮ ಇಷ್ಟವನ್ನೂ ಜೊತೆಗೆ ತರುತ್ತಾರೆ ಎಂಬ ಇನ್ನೊಂದು ವಾದದ ಮೇಲೆ ಲೇಖಕರು ತಮ್ಮ ಮಾದರಿಯನ್ನು ಕಟ್ಟಿದ್ದಾರೆ. ಸೆಮಿನಾರಿಗೆ ಇಷ್ಟು ಸಾಕು. ಸಮೀಕರಣ ಯಾರಾದರೂ ಕೇಳಿದರೆ ತೋರಿಸಲು ಒಂದು ಸ್ಲೈಡ್ ಕೊನೆಯಲ್ಲಿ ಇಟ್ಟುಕೊಂಡರಾಯಿತು.

ಇಷ್ಟನ್ನು ಅರಗಿಸಿಕೊಂಡವರು ಬರೆಯುವ ಸಾರಾಂಶ ಹೀಗಿರಬಹುದು: ‘ಅಧ್ಯಕ್ಷ ಸ್ಥಾನ ಹೆಂಗಸಿಗೆ ಮೀಸಲಾದರೆ ಪಂಚಾಯಿತಿಯ ಹಣ ಬೇರೆ ಕೆಲಸಗಳಿಗೆ ಹೋಗುತ್ತದೆಯೇ ಎಂದು ಲೇಖಕರು ಕೇಳುತ್ತಾರೆ. ಮೀಸಲಾತಿ ಯಾದೃಚ್ಛಿಕವಾಗಿ ಹಂಚಿಕೆಯಾಗಿದ್ದರಿಂದ ಮೀಸಲಾದ, ಮೀಸಲಾಗದ ಪಂಚಾಯಿತಿಗಳನ್ನು ನೇರವಾಗಿ ಹೋಲಿಸುತ್ತಾರೆ. ಬೀರಭೂಮ್ ಮತ್ತು ಉದಯಪುರ ಎರಡರಲ್ಲೂ ನೀರಿನ ಕೆಲಸ ಹೆಚ್ಚಿದೆ. ರಸ್ತೆ ಒಂದು ಕಡೆ ಸುಧಾರಿಸಿದೆ, ಇನ್ನೊಂದು ಕಡೆ ಹಿಂದೆ ಬಿದ್ದಿದೆ. ಎರಡೂ ಕಡೆ ಈ ಬದಲಾವಣೆ ಸ್ಥಳೀಯ ಹೆಂಗಸರ ದೂರುಗಳ ಜಾಡಿನಲ್ಲೇ ಇದೆ.’ ಹೆಂಗಸರು ಉತ್ತಮ ಆಡಳಿತಗಾರರು ಎಂಬ ಮಾತು ಇದರಲ್ಲಿ ಎಲ್ಲೂ ಇಲ್ಲ. ಪೇಪರ್ ಅದನ್ನು ಅಳೆಯಲಿಲ್ಲ. ಸಾರಾಂಶ ಬರೆದಾದ ಮೇಲೆ ಒಂದೊಂದು ವಾಕ್ಯಕ್ಕೂ ಪಕ್ಕದಲ್ಲಿ ಪೇಪರಿನ ಪುಟಸಂಖ್ಯೆ ಹಾಕಿ ನೋಡಬೇಕು. ಪುಟ ಸಿಗದ ವಾಕ್ಯ ಓದುಗನ ಸ್ವಂತ ಆಸೆಯಿಂದ ಬಂದದ್ದು.

ಚರ್ಚೆಯ ಪ್ರಶ್ನೆಗಳಿಗೂ ಒಂದು ಒರೆಗಲ್ಲು ಉಂಟು. ಪೇಪರ್ ಓದದವರೂ ಅದಕ್ಕೆ ಉತ್ತರಿಸಬಹುದೇ? ಹೌದಾದರೆ ಆ ಪ್ರಶ್ನೆಯನ್ನು ಬಿಡಬೇಕು. ‘ಮಹಿಳಾ ಮೀಸಲಾತಿ ಬೇಕೇ ಬೇಡವೇ’ ಎಂದು ಕೇಳಿದರೆ ತರಗತಿಯಲ್ಲಿ ಗದ್ದಲ ಏಳುತ್ತದೆ, ಆದರೆ ಪೇಪರನ್ನು ಯಾರೂ ತೆರೆಯುವುದಿಲ್ಲ. ಒಳ್ಳೆಯ ಪ್ರಶ್ನೆ ಹೋಲಿಕೆಯ ಬಿರುಕಿನಿಂದಲೇ ಹುಟ್ಟುತ್ತದೆ.

ಒಂದು ಬಿರುಕು ಇದು. ಮೀಸಲಾತಿಯಿಂದ ಬಂದವಳು ಬರೀ ಹೆಂಗಸಲ್ಲ. ಅವಳು ಸಾಮಾನ್ಯವಾಗಿ ಹೊಸಬಳು, ಮುಂದಿನ ಸಲ ಮೀಸಲು ಬೇರೆಡೆಗೆ ಹೋದರೆ ತಾನು ಮತ್ತೆ ಗೆಲ್ಲುವುದಿಲ್ಲ ಎಂದು ಅವಳಿಗೆ ಗೊತ್ತು. ಹಾಗಾದರೆ ಕಂಡ ವ್ಯತ್ಯಾಸ ಹೆಣ್ಣೆಂಬ ಕಾರಣಕ್ಕೋ, ಹೊಸಬಳೆಂಬ ಕಾರಣಕ್ಕೋ? ಲೇಖಕರು ಇದನ್ನು ಊಹಿಸಿ, ಮೊದಲ ಸಲ ಗೆದ್ದ ಗಂಡಸರ ಜೊತೆಗೂ ಹೋಲಿಸಿದ್ದಾರೆ. ಆ ಹೋಲಿಕೆ ಸಾಕೇ, ಅದಕ್ಕೆ ಮೊದಲಿನ ಚೀಟಿ ಎತ್ತಿದ ಬಲ ಇದೆಯೇ ಎಂದು ಕೇಳಿದರೆ ಎಲ್ಲರೂ ಆ ಪುಟ ತಿರುವಲೇಬೇಕಾಗುತ್ತದೆ.

ಇನ್ನೊಂದು ದೂರುಗಳ ಬಗ್ಗೆ. ಬಂಗಾಳದಲ್ಲಿ ಅಧ್ಯಕ್ಷೆ ಇದ್ದ ಕಡೆ ಹೆಂಗಸರು ಗ್ರಾಮಸಭೆಗೆ ಹೆಚ್ಚು ಬಂದರು, ದೂರನ್ನೂ ಹೆಚ್ಚು ಕೊಟ್ಟರು. ಆಗ ನೀರಿನ ಕೆಲಸ ನಡೆದದ್ದು ಅಧ್ಯಕ್ಷೆಯ ಇಷ್ಟದಿಂದಲೋ, ಕೇಳುವ ಬಾಯಿಗಳು ಹೆಚ್ಚಾದದ್ದರಿಂದಲೋ? ಈ ಪ್ರಶ್ನೆಯ ಸೊಗಸೆಂದರೆ ಉತ್ತರದ ಸುಳಿವು ಪೇಪರಿನಲ್ಲೇ ಇದೆ. ರಾಜಸ್ಥಾನದಲ್ಲಿ ಹೆಂಗಸರ ಭಾಗವಹಿಸುವಿಕೆ ಹೆಚ್ಚಲಿಲ್ಲ, ಆದರೂ ನೀರಿನ ಕೆಲಸ ಹೆಚ್ಚಿತು. ಪ್ರಶ್ನೆ ಕೇಳುವವರು ಇದನ್ನು ಮೊದಲೇ ಹೇಳಬಾರದು. ತರಗತಿಯಲ್ಲಿ ಯಾರಾದರೂ ಹುಡುಕಿ ತೆಗೆಯಲಿ ಎಂದು ಕಾಯಬೇಕು.

ಕರ್ನಾಟಕದಲ್ಲಿ ಕೂತು ಈ ಪೇಪರ್ ಓದುವವರಿಗೆ ಮೂರನೆಯದೊಂದು ಪ್ರಶ್ನೆ ಇದ್ದೇ ಇದೆ. ಈ ರಾಜ್ಯ 1983ರ ಕಾಯ್ದೆಯಲ್ಲೇ ಪಂಚಾಯತ್ ಸಂಸ್ಥೆಗಳಲ್ಲಿ ಹೆಂಗಸರಿಗೆ ಶೇ. 25ರಷ್ಟು ಸ್ಥಾನ ಮೀಸಲಿಟ್ಟು, 1987ರಲ್ಲಿ ಚುನಾವಣೆ ನಡೆಸಿತ್ತು. 2008ರಲ್ಲಿ ರಾಡು ಬಾನ್ ಮತ್ತು ವಿಜಯೇಂದ್ರ ರಾವ್ ಅವರು ಕರ್ನಾಟಕವೂ ಸೇರಿದಂತೆ ದಕ್ಷಿಣದ ನಾಲ್ಕು ರಾಜ್ಯಗಳನ್ನು ನೋಡಿ ಒಂದು ಪೇಪರ್ ಬರೆದರು. ಅಧ್ಯಕ್ಷೆಯರ ಕೆಲಸ ಅಧ್ಯಕ್ಷರ ಕೆಲಸಕ್ಕಿಂತ ಹೇಳಿಕೊಳ್ಳುವಷ್ಟು ಬೇರೆಯಾಗಿ ಅವರಿಗೆ ಕಾಣಲಿಲ್ಲ. ರಾಜಕೀಯದ ಅನುಭವವಿದ್ದ ಕಡೆ, ಮೇಲ್ಜಾತಿಯ ಹಿಡಿತ ಸಡಿಲವಿದ್ದ ಕಡೆ, ಪಂಚಾಯಿತಿ ವ್ಯವಸ್ಥೆ ಹಳೆಯದಾದ ಕಡೆ ಅಧ್ಯಕ್ಷೆಯರು ಹೆಚ್ಚು ಚೆನ್ನಾಗಿ ಕೆಲಸ ಮಾಡಿದ್ದರು. ಬೀರಭೂಮ್ ಮತ್ತು ಉದಯಪುರ ಎರಡೇ ಜಿಲ್ಲೆಗಳಿಂದ ಬಂದ ಮಾತನ್ನು ಎಷ್ಟು ದೂರ ಎಳೆಯಬಹುದು? ಇಲ್ಲಿ ಗಂಡಸರ ಮತ್ತು ಹೆಂಗಸರ ಬೇಡಿಕೆಗಳ ನಡುವೆ ಅಷ್ಟು ಅಂತರ ಇರಲಿಲ್ಲವೋ, ಇದ್ದರೂ ಅಧ್ಯಕ್ಷೆಯ ಕೈಗೆ ಹಣ ಬರಲಿಲ್ಲವೋ? ಎರಡನ್ನೂ ಬೇರೆ ಮಾಡಿ ತೋರಿಸಲು ಯಾವ ಕೋಷ್ಟಕ ಬೇಕು ಎಂದು ತರಗತಿಗೆ ಕೇಳಿ, ಖಾಲಿ ಹಾಳೆಯಲ್ಲಿ ಅದರ ಸಾಲುಗಳ ಹೆಸರು ಬರೆಸಬಹುದು.

ನೀರಿನ ಸಾಲು, ರಸ್ತೆಯ ಸಾಲು, ದೂರುಗಳ ಸಾಲು ಮತ್ತು ಈ ಮೂರು ಪ್ರಶ್ನೆ ಒಂದೇ ಮಗ್ಗುಲಿನ ಹಾಳೆಯಲ್ಲಿ ಹಿಡಿಸುತ್ತವೆ. ಸೆಮಿನಾರಿನ ಹಿಂದಿನ ದಿನವೇ ಅದರ ಜೆರಾಕ್ಸ್ ಹಂಚಿದರೆ, ಇಪ್ಪತ್ತು ನಿಮಿಷದಲ್ಲಿ ಹನ್ನೆರಡು ಸಾರಾಂಶಕ್ಕೆ ಹೋದರೂ ಚರ್ಚೆಗೆ ಎಂಟು ಉಳಿಯುತ್ತದೆ.