ರಾಜೀನಾಮೆ ಪತ್ರದಲ್ಲಿ ತಾರೀಖೇ ಮುಖ್ಯ

ರೈತ ಸಂಪರ್ಕ ಕೇಂದ್ರದ ಒಬ್ಬ ಕೃಷಿ ಅಧಿಕಾರಿಯನ್ನು ಊಹಿಸಿಕೊಳ್ಳಿ. ಕೆಲಸಕ್ಕೆ ಸೇರಿ ಏಳು ವರ್ಷವಾಗಿದೆ. ನೆದರ್ಲೆಂಡ್ಸಿನ ವಾಗೆನಿಂಗೆನ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ.ಗೆ ಕರೆ ಬಂದಿದೆ, ಸೆಪ್ಟೆಂಬರ್ ಒಂದಕ್ಕೆ ಅಲ್ಲಿರಬೇಕು. ಈಗಿನ್ನೂ ಏಪ್ರಿಲ್, ವೀಸಾ ಕೈಗೆ ಬಂದಿಲ್ಲ. ರಾಜೀನಾಮೆ ಈಗಲೇ ಕೊಟ್ಟು ವೀಸಾ ಸಿಗದಿದ್ದರೆ ಬೀದಿಪಾಲು. ವೀಸಾ ಬರಲಿ ಎಂದು ಕಾದು ಜುಲೈನಲ್ಲಿ ಕೊಟ್ಟರೆ ಕಡತ ತಾಲ್ಲೂಕು, ಜಿಲ್ಲೆ ದಾಟಿ ಬೆಂಗಳೂರು ಸೇರುವ ಹೊತ್ತಿಗೆ ಸೆಪ್ಟೆಂಬರ್ ಕಳೆದಿರುತ್ತದೆ. ಈ ಇಕ್ಕಟ್ಟನ್ನು ಬಿಡಿಸುವುದು ಆ ಪತ್ರದೊಳಗಿನ ಒಂದೇ ಒಂದು ತಾರೀಖು.

ರಜೆ ಹಾಕಿ ಹೋಗಬಹುದಲ್ಲ ಎಂದು ಮನೆಯವರು ಮೊದಲು ಕೇಳುತ್ತಾರೆ. ಅಧ್ಯಯನ ರಜೆ ಎಂಬುದು ಇದೆ, ನಿಜ. ಆದರೆ ಅದರ ಅಳತೆಯೇ ಸಣ್ಣದು. ಕೇಂದ್ರ ಸರ್ಕಾರದ ನೌಕರರ ನಿಯಮವನ್ನೇ ತೆಗೆದುಕೊಳ್ಳಿ: ಇಡೀ ಸೇವೆಯಲ್ಲಿ ಸಾಮಾನ್ಯವಾಗಿ 24 ತಿಂಗಳು, ಬೇರೆ ರಜೆಗಳನ್ನೆಲ್ಲ ಕೂಡಿಸಿದರೂ ಪಿಎಚ್.ಡಿ.ಗೆ 36 ತಿಂಗಳು. ವಾಗೆನಿಂಗೆನ್‌ನ ಪಿಎಚ್.ಡಿ. ನಾಲ್ಕು ವರ್ಷದ್ದು. ಇನ್ನೊಂದು ತೊಡಕನ್ನು ಯಾರೂ ಮೊದಲು ಯೋಚಿಸುವುದಿಲ್ಲ. ಅಲ್ಲಿ ಅನೇಕ ಸಂಶೋಧಕರನ್ನು ವಿದ್ಯಾರ್ಥಿಗಳಾಗಿ ಅಲ್ಲ, ಸಂಬಳದ ನೌಕರರಾಗಿ ತೆಗೆದುಕೊಳ್ಳುತ್ತಾರೆ. ಹಾಗಾಗಿ ಇಲ್ಲಿ ಸರ್ಕಾರಿ ನೌಕರನಾಗಿದ್ದುಕೊಂಡೇ ಅಲ್ಲಿನ ಒಪ್ಪಂದಕ್ಕೆ ಸಹಿ ಹಾಕಿದರೆ ಎರಡು ದೋಣಿಯಲ್ಲಿ ಕಾಲಿಟ್ಟಂತಾಗುತ್ತದೆ. ಸ್ವಯಂ ನಿವೃತ್ತಿಯ ದಾರಿಯೂ ಇವನಿಗಿಲ್ಲ. ಕರ್ನಾಟಕದಲ್ಲಿ ಅದಕ್ಕೆ 15 ವರ್ಷ ಅರ್ಹ ಸೇವೆ ಆಗಿರಬೇಕು, ಇಲ್ಲವೇ 50 ವರ್ಷ ವಯಸ್ಸಾಗಿರಬೇಕು. ಉಳಿದದ್ದು ರಾಜೀನಾಮೆ.

ರಾಜೀನಾಮೆಯನ್ನು ಯಾವಾಗ ಹಿಂಪಡೆಯಬಹುದು ಎಂಬುದನ್ನು ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಚೆನ್ನಾಗಿ ತೋರಿಸುತ್ತವೆ. ಐಎಎಸ್ ಅಧಿಕಾರಿ ರಾಜ್ ಕುಮಾರ್ 1964ರ ಆಗಸ್ಟ್‌ನಲ್ಲಿ ರಾಜೀನಾಮೆ ಬರೆದರು. ಅಕ್ಟೋಬರ್ ಕೊನೆಯಲ್ಲಿ ಸರ್ಕಾರ ಅದನ್ನು ಅಂಗೀಕರಿಸಿತು, ಆದರೆ ಆ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ನವೆಂಬರ್‌ನಲ್ಲಿ ಅವರು ಮನಸ್ಸು ಬದಲಿಸಿ ಹಿಂಪಡೆಯುವ ಪತ್ರ ಕಳಿಸಿದರು. ತಡವಾಯಿತು ಎಂದಿತು ಕೋರ್ಟು, 1968ರಲ್ಲಿ. ಅಂಗೀಕಾರವಾದ ಕ್ಷಣಕ್ಕೇ ಕೆಲಸ ಹೋಯಿತು, ಆದೇಶ ಕೈಗೆ ಬಂದಿರಬೇಕೆಂದೇನೂ ಇಲ್ಲ.

ಎರಡನೆಯದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸತೀಶ್ ಚಂದ್ರ ಅವರದು. 1977ರ ಮೇ 7ರಂದು ಅವರು ಬರೆದ ಪತ್ರದಲ್ಲಿ ರಾಜೀನಾಮೆ ಆಗಸ್ಟ್ 1ರಿಂದ ಜಾರಿಗೆ ಬರಲಿ ಎಂದಿತ್ತು. ಜುಲೈ 15ರಂದು ಹಿಂಪಡೆದರು. ಅವರಿದ್ದ ಹೈಕೋರ್ಟೇ ಅದು ಆಗದು ಎಂದಿತು, 1978ರಲ್ಲಿ ಸುಪ್ರೀಂ ಕೋರ್ಟು ಆಗುತ್ತದೆ ಎಂದಿತು. ಮುಂದಿನ ತಾರೀಖು ಹಾಕಿದ ರಾಜೀನಾಮೆಗೆ ಆ ದಿನ ಬರುವ ತನಕ ಜೀವ ಬರುವುದಿಲ್ಲ, ಅಲ್ಲಿಯವರೆಗೆ ಬರೆದವನು ಅದನ್ನು ವಾಪಸು ತೆಗೆದುಕೊಳ್ಳಬಹುದು. ನ್ಯಾಯಮೂರ್ತಿಯ ರಾಜೀನಾಮೆಗೆ ಯಾರ ಅಂಗೀಕಾರವೂ ಬೇಕಿಲ್ಲ, ನೌಕರನದಕ್ಕೆ ಬೇಕು, ಆ ವ್ಯತ್ಯಾಸ ಇದ್ದೇ ಇದೆ. ಆದರೂ ಸೇವಾ ನಿಯಮದಲ್ಲಿ ಬೇರೆ ಹೇಳಿರದಿದ್ದರೆ ಜಾರಿಯ ದಿನದ ಈ ತತ್ವವನ್ನು ಮುಂದೆ ನೌಕರರ ವಿಷಯದಲ್ಲೂ ಕೋರ್ಟುಗಳು ಬಳಸಿವೆ.

ಈಗ ನಮ್ಮ ಕೃಷಿ ಅಧಿಕಾರಿಯ ಪತ್ರಕ್ಕೆ ಬರೋಣ. ಸಹಾಯಕ ಕೃಷಿ ನಿರ್ದೇಶಕರು, ಜಂಟಿ ಕೃಷಿ ನಿರ್ದೇಶಕರ ಮೂಲಕ ನೇಮಕಾತಿ ಪ್ರಾಧಿಕಾರಕ್ಕೆ ವಿಳಾಸ ಹಾಕಿ, ವಿಷಯ ಎಂದು ಒಂದು ಸಾಲು ಬರೆದ ಮೇಲೆ ಒಡಲು ಇಷ್ಟಾದರೆ ಸಾಕು:

“ಮಾನ್ಯರೇ, ವಿದೇಶದಲ್ಲಿ ಪಿಎಚ್.ಡಿ. ವ್ಯಾಸಂಗ ಕೈಗೊಳ್ಳುವ ಸಲುವಾಗಿ ನನ್ನ ಹುದ್ದೆಗೆ ಸ್ವಇಚ್ಛೆಯಿಂದ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ಇದನ್ನು ದಿನಾಂಕ ಜುಲೈ 31ರ ಅಪರಾಹ್ನದಿಂದ ಜಾರಿಗೆ ಬರುವಂತೆ ಅಂಗೀಕರಿಸಿ, ಅಂದೇ ಕರ್ತವ್ಯದಿಂದ ಬಿಡುಗಡೆಗೊಳಿಸಬೇಕೆಂದು ಕೋರುತ್ತೇನೆ. ನನ್ನ ವಿರುದ್ಧ ಯಾವುದೇ ಇಲಾಖಾ ವಿಚಾರಣೆ ಬಾಕಿ ಇರುವುದಿಲ್ಲ. ಸರ್ಕಾರಕ್ಕೆ ನನ್ನಿಂದ ಬರಬೇಕಾದ ಬಾಕಿಗಳನ್ನು ಬಿಡುಗಡೆಗೆ ಮುನ್ನ ತೀರಿಸುತ್ತೇನೆ.”

“ವೀಸಾ ದೊರೆತಲ್ಲಿ” ಎಂದು ಸೇರಿಸುವ ಆಸೆ ಎಲ್ಲರಿಗೂ ಆಗುತ್ತದೆ. ಸೇರಿಸಬಾರದು. ಷರತ್ತು ಬಿದ್ದ ಕೂಡಲೇ ಅದು ರಾಜೀನಾಮೆಯೇ ಅಲ್ಲ ಎಂದು ಕಡತ ಟಿಪ್ಪಣಿ ಹೊತ್ತು ವಾಪಸು ಬರುತ್ತದೆ. ಆ ಷರತ್ತು ಮಾಡಬೇಕಾದ ಕೆಲಸವನ್ನು ಜುಲೈ 31 ಎಂಬ ತಾರೀಖು ಸದ್ದಿಲ್ಲದೆ ಮಾಡುತ್ತಿದೆ. ವೀಸಾ ತಿರಸ್ಕಾರವಾದರೆ ಆ ದಿನದೊಳಗೆ ಹಿಂಪಡೆಯುವ ಪತ್ರವನ್ನು ಸ್ವೀಕೃತಿ ಮುದ್ರೆಯೊಡನೆ ಕೊಡಬೇಕು. ವರ್ಗಾವಣೆಯ ಅನ್ಯಾಯ, ಮೇಲಧಿಕಾರಿಯ ಕಿರುಕುಳ ಇವನ್ನೂ ಇಲ್ಲಿ ತುರುಕಬಾರದು. ದೂರು ನಿಜವಿದ್ದರೆ ಬೇರೆ ಹಾಳೆಯಲ್ಲಿ ಬರೆಯಲಿ. ಇಲ್ಲದಿದ್ದರೆ “ಸ್ವಇಚ್ಛೆಯಿಂದ” ಎಂಬ ಮಾತಿಗೇ ಅರ್ಥ ಉಳಿಯದು.

ವಿಚಾರಣೆ ಬಾಕಿಯಿದ್ದರೆ ಅಂಗೀಕಾರ ಸಾಮಾನ್ಯವಾಗಿ ನಿಂತುಹೋಗುತ್ತದೆ. ಇಲಾಖೆಯ ಸಂಬಳದಲ್ಲೇ ಎಂ.ಎಸ್ಸಿ. ಮುಗಿಸಿ ಮುಚ್ಚಳಿಕೆ ಬರೆದುಕೊಟ್ಟಿದ್ದರೆ ಆ ಹಣದ ಲೆಕ್ಕ ಮೇಲೆದ್ದು ಬರುತ್ತದೆ. ಆದರೆ ರೈತ ಸಂಪರ್ಕ ಕೇಂದ್ರದವರನ್ನು ಹೆಚ್ಚಾಗಿ ಹಿಡಿದು ನಿಲ್ಲಿಸುವುದು ಗೋದಾಮು. ಜುಲೈ ಎಂದರೆ ಮುಂಗಾರು ಬಿತ್ತನೆಯ ಭರಾಟೆ. ಬೆಳಗಾದರೆ ರಿಯಾಯಿತಿ ಬೀಜಕ್ಕೆ ಸಾಲು. ಪ್ರಭಾರ ವಹಿಸಿಕೊಳ್ಳುವವರು ಎಣಿಸಿದಾಗ ದಾಸ್ತಾನು ವಹಿಯಲ್ಲಿ ರಾಗಿ ಬೀಜದ 5 ಕೆ.ಜಿ. ಚೀಲಗಳು 240, ಗೋದಾಮಿನಲ್ಲಿ 228 ಎಂದಿಟ್ಟುಕೊಳ್ಳಿ. ಹನ್ನೆರಡು ಚೀಲ ಯಾರೂ ಕದ್ದಿಲ್ಲ. ಸಂಜೆ ನೆಟ್‌ವರ್ಕ್ ಹೋಗಿತ್ತು, ದೂರದ ಊರಿನಿಂದ ಬಂದ ರೈತರನ್ನು ಬರಿಗೈಲಿ ಕಳಿಸಲಾಗದೆ ಚೀಟಿ ಬರೆದು ಕೊಟ್ಟದ್ದು, ಮರುದಿನ ತಂತ್ರಾಂಶಕ್ಕೆ ಏರಿಸಲು ಮರೆತದ್ದು. ಚೀಟಿಗಳು ಸಿಕ್ಕಿದರೆ ಅರ್ಧ ದಿನದ ಕೆಲಸ. ಸಿಗದಿದ್ದರೆ ಬೀಜದ ದುಡ್ಡು ಕೈಯಿಂದ, ಮೇಲೊಂದು ವಿವರಣೆ, ಅಷ್ಟರಲ್ಲಿ ಬೇಬಾಕಿ ಪ್ರಮಾಣಪತ್ರ ವಾರಗಟ್ಟಲೆ ಹಿಂದೆ. ಟಾರ್ಪಾಲಿನ್, ತುಂತುರು ನೀರಾವರಿ ಪೈಪು, ರೈತರ ವಂತಿಕೆಯ ಹಣ ಬ್ಯಾಂಕಿಗೆ ಕಟ್ಟಿದ ಚಲನ್, ಇವಕ್ಕೂ ಇದೇ ಗತಿ. ಪತ್ರ ಕೊಟ್ಟ ವಾರದಲ್ಲೇ ದಾಸ್ತಾನು ಎಣಿಸಿಕೊಂಡವನು ಜಾಣ.

ಕಳೆದುಕೊಳ್ಳುವುದೇನು? ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ಲೆಕ್ಕಕ್ಕೆ ಬರುವುದಿಲ್ಲ. ಮುಂದೆ ಮತ್ತೆ ಸರ್ಕಾರಿ ಕೆಲಸ ಸಿಕ್ಕರೂ ಜ್ಯೇಷ್ಠತೆ ಮೊದಲಿನಿಂದಲೇ ಶುರು. 2006ರ ಏಪ್ರಿಲ್ 1ರ ನಂತರ ಸೇರಿದವರು ಹೊಸ ಪಿಂಚಣಿ ಯೋಜನೆಯವರು. ಅವರ ಖಾತೆಯ ಹಣ ಅವರದೇ, ಆದರೆ 60 ತುಂಬುವ ಮುನ್ನ ಹೊರಬಂದರೆ ಅದರ ದೊಡ್ಡ ಪಾಲು ವರ್ಷಾಶನಕ್ಕೆ ಹೋಗುತ್ತದೆ. ಮುಚ್ಚುವ ಅವಸರ ಬೇಡ, ಪ್ರಾನ್ ಸಂಖ್ಯೆ ಇಟ್ಟುಕೊಂಡು ಖಾತೆ ಮುಂದುವರಿಸಬಹುದು. ಕೆಜಿಐಡಿ ವಿಮೆಯ ಮೇಲಿನ ಸಾಲವನ್ನು ಅಂತಿಮ ವೇತನ ಪ್ರಮಾಣಪತ್ರ ಬರೆಯುವ ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು.

ಕೆಲವರು ಇದೆಲ್ಲ ರಗಳೆಯೆಂದು ಗಳಿಕೆ ರಜೆ ಹಾಕಿ ವಿಮಾನ ಹತ್ತಿಬಿಡುತ್ತಾರೆ, ರಾಜೀನಾಮೆಯನ್ನು ಅಲ್ಲಿಂದ ಅಂಚೆಯಲ್ಲಿ ಕಳಿಸುತ್ತಾರೆ. ಆ ಹೊತ್ತಿಗೆ ಅವರು ಅನಧಿಕೃತ ಗೈರುಹಾಜರಿ, ಕೈಗೆ ಬರುವುದು ನೋಟಿಸು. ನಾಲ್ಕು ವರ್ಷದ ಮೇಲೆ ಡಾಕ್ಟರೇಟ್ ಹಿಡಿದು ಇಲ್ಲಿನ ಕೃಷಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಾಗ ಹಿಂದಿನ ನೌಕರಿ ಏನಾಯಿತು ಎಂಬ ಕಾಲಂ ಎದುರಾಗುತ್ತದೆ. ಅಂಗೀಕಾರ ಆದೇಶ, ಬಿಡುಗಡೆ ಆದೇಶ, ಬೇಬಾಕಿ ಪ್ರಮಾಣಪತ್ರ, ಸೇವಾ ಪುಸ್ತಕದ ದೃಢೀಕೃತ ಪ್ರತಿ ಈ ನಾಲ್ಕು ಕಾಗದ ಇದ್ದವನು “ರಾಜೀನಾಮೆ” ಎಂದು ತುಂಬುತ್ತಾನೆ. ನೋಟಿಸು ಪಡೆದು ಕೊನೆಗೆ ವಜಾ ಆದವನು ಅದೇ ಕಾಲಂನಲ್ಲಿ ವಜಾ ಎಂದೇ ಬರೆಯಬೇಕು.