ಆರು ಯಂತ್ರ, ಇಬ್ಬರು ಎಂಜಿನಿಯರ್: ಸಣ್ಣ ಕಂಪನಿಗೆ ಪಿಎಂಓ ಯಾವಾಗ ಬೇಕು?

ದೊಡ್ಡ ಐಟಿ ಕಂಪನಿಗಳಲ್ಲಿ, ಬ್ಯಾಂಕುಗಳಲ್ಲಿ, ಮೆಟ್ರೋದಂಥ ಭಾರಿ ಕಾಮಗಾರಿಗಳಲ್ಲಿ ‘ಪಿಎಂಓ’ ಎಂಬ ವಿಭಾಗವೊಂದಿರುತ್ತದೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಆಫೀಸ್ ಎಂಬುದು ಅದರ ಪೂರ್ತಿ ಹೆಸರು. ಪ್ರತಿ ಪ್ರಾಜೆಕ್ಟಿಗೂ ಒಬ್ಬ ಮ್ಯಾನೇಜರ್ ಇದ್ದೇ ಇರುವಾಗ ಅವರ ಮೇಲೆ ಇನ್ನೊಂದು ಆಫೀಸು ಏಕೆ ಎಂದು ಯಾರಿಗಾದರೂ ಅನಿಸಬಹುದು. ಐವತ್ತು ಅರವತ್ತು ಜನರ ಕಂಪನಿ ನಡೆಸುವವರಿಗಂತೂ ಅದು ದುಂದುವೆಚ್ಚದಂತೆ ಕಾಣುತ್ತದೆ. ಆದರೆ ಪಿಎಂಓ ಮಾಡುವ ಮುಖ್ಯ ಕೆಲಸ ಒಂದಿದೆ. ಅದನ್ನು ಯಾವ ಪ್ರಾಜೆಕ್ಟ್ ಮ್ಯಾನೇಜರೂ, ಎಷ್ಟೇ ಸಮರ್ಥನಾಗಿದ್ದರೂ, ತಾನು ಕೂತ ಜಾಗದಿಂದ ಮಾಡಲಾರ. ಎಲ್ಲ ಪ್ರಾಜೆಕ್ಟುಗಳ ಮೊತ್ತವನ್ನು ನೋಡುವುದೇ ಆ ಕೆಲಸ.

ಒಂದು ಉದಾಹರಣೆಯ ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ.

ಬಿಡಿಯಾಗಿ ಸರಿ, ಒಟ್ಟಾಗಿ ತಪ್ಪು

ಬೆಂಗಳೂರಿನ ಪೀಣ್ಯದಲ್ಲಿ ಸ್ಪೆಷಲ್ ಪರ್ಪಸ್ ಮೆಷಿನ್ ತಯಾರಿಸುವ ಸಣ್ಣ ಕಂಪನಿಗಳಿವೆ. ಗ್ರಾಹಕರ ಒಂದು ನಿರ್ದಿಷ್ಟ ಕೆಲಸಕ್ಕೆಂದೇ ವಿನ್ಯಾಸ ಮಾಡಿ ಕಟ್ಟುವ ಯಂತ್ರಗಳು ಇವು. ಆರ್ಡರ್ ಬಂದ ಮೇಲೆ ಡಿಸೈನ್, ಡ್ರಾಯಿಂಗಿಗೆ ಗ್ರಾಹಕರ ಒಪ್ಪಿಗೆ, ಬಿಡಿಭಾಗಗಳ ಖರೀದಿ, ಮೆಷಿನಿಂಗ್, ಅಸೆಂಬ್ಲಿ, ಪ್ಯಾನೆಲ್ ವೈರಿಂಗ್, ಪಿಎಲ್‌ಸಿ ಪ್ರೋಗ್ರಾಮಿಂಗ್, ಟ್ರಯಲ್, ಗ್ರಾಹಕರಿಂದ ತಪಾಸಣೆ, ಡಿಸ್ಪ್ಯಾಚ್, ಕೊನೆಗೆ ಅವರ ಕಾರ್ಖಾನೆಯಲ್ಲಿ ಕಮಿಷನಿಂಗ್. ಯಂತ್ರ ಯಾವ ಕ್ರಮದಲ್ಲಿ ಚಲಿಸಬೇಕೆಂದು ಹೇಳುವ ಕಂಪ್ಯೂಟರ್ ಪಿಎಲ್‌ಸಿ. ಅದಕ್ಕೆ ಪ್ರೋಗ್ರಾಂ ಬರೆಯಬಲ್ಲವರು ಸಣ್ಣ ಕಂಪನಿಯಲ್ಲಿ ಹೆಚ್ಚೆಂದರೆ ಒಬ್ಬರೋ ಇಬ್ಬರೋ ಇರುತ್ತಾರೆ.

ಐವತ್ತೈದು ಜನರ ಅಂಥದೊಂದು ಕಂಪನಿಯನ್ನು ಊಹಿಸಿಕೊಳ್ಳೋಣ. ಕೈಯಲ್ಲಿ ಆರು ಯಂತ್ರಗಳ ಆರ್ಡರ್ ಇದೆ. ಆರನ್ನೂ ಮುಂದಿನ 12 ವಾರಗಳಲ್ಲಿ ಮುಗಿಸಿಕೊಡುವುದಾಗಿ ಮಾತು ಕೊಟ್ಟಾಗಿದೆ. ಪಿಎಲ್‌ಸಿ ಎಂಜಿನಿಯರ್‌ಗಳು ಇಬ್ಬರು. ಒಂದು ಯಂತ್ರಕ್ಕೆ ಇಲ್ಲಿ ಕೂತು ಪ್ರೋಗ್ರಾಂ ಬರೆದು ಟ್ರಯಲ್ ಮಾಡಲು 3 ವಾರ, ಗ್ರಾಹಕರ ಜಾಗದಲ್ಲಿ ಕಮಿಷನಿಂಗಿಗೆ 2 ವಾರ, ಒಟ್ಟು ಒಬ್ಬರ 5 ವಾರ ಬೇಕು. ಪ್ರತಿ ಪ್ರಾಜೆಕ್ಟಿನ ಮುಖ್ಯಸ್ಥರೂ ತಮ್ಮ ವೇಳಾಪಟ್ಟಿಯಲ್ಲಿ ಆ 5 ವಾರವನ್ನು ಸರಿಯಾಗಿಯೇ ಗುರುತು ಮಾಡಿದ್ದಾರೆ. ಯಾವ ಪಟ್ಟಿಯಲ್ಲೂ ತಪ್ಪಿಲ್ಲ.

ಈಗ ಕೂಡಿಸಿ ನೋಡಿ. ಆರು ಯಂತ್ರಕ್ಕೆ 30 ವಾರದ ಕೆಲಸ. ಇಬ್ಬರು ಎಂಜಿನಿಯರ್‌ಗಳ 12 ವಾರ ಸೇರಿದರೆ 24. ಹಳೇ ಯಂತ್ರಗಳ ಸರ್ವೀಸ್ ಕರೆ, ರಜೆ, ಹಬ್ಬ ಎಂದು 5 ವಾರ ಕಳೆದರೆ ಉಳಿಯುವುದು 19. ಅಂದರೆ 11 ವಾರದ ಕೊರತೆ. ಇರುವ ಸಮಯದಲ್ಲಿ ಮೂರು ಯಂತ್ರ ಮುಗಿದು, ನಾಲ್ಕನೆಯದು ಮುಗಿಯುವ ಹಂತಕ್ಕೆ ಬಂದೀತು. ಉಳಿದೆರಡಕ್ಕೆ ಕೊಟ್ಟ ತಾರೀಕು ಮಾತು ಕೊಟ್ಟ ದಿನವೇ ತಪ್ಪಿತ್ತು. ಆದರೆ ಅದು ಬಯಲಾಗುವುದು ಹತ್ತನೇ ವಾರದಲ್ಲಿ, ಮೂವರು ಮುಖ್ಯಸ್ಥರು ಒಬ್ಬನೇ ಎಂಜಿನಿಯರನ್ನು ಎಳೆದಾಡುವಾಗ. ಆಮೇಲೆ ಇಬ್ಬರೂ ಎಂಜಿನಿಯರ್‌ಗಳು ಭಾನುವಾರವೂ ಕೆಲಸ ಮಾಡುತ್ತಾರೆ, ತಡವಾದದ್ದಕ್ಕೆ ಬೈಗುಳವನ್ನೂ ತಿನ್ನುತ್ತಾರೆ. ತಪ್ಪು ಅವರದಲ್ಲ, ಯಾರೂ ಕೂಡಿಸಿ ನೋಡದ ಲೆಕ್ಕದ್ದು.

ಪಿಎಂಓ ಮಾಡುವ ಕೆಲಸ

ಪಿಎಂಓ ಮೊದಲು ಮಾಡುವುದು ಕಂಪನಿಯ ಎಲ್ಲ ಪ್ರಾಜೆಕ್ಟುಗಳನ್ನು ಒಂದೇ ಪಟ್ಟಿಗೆ ತರುವುದು. ಮಾಲೀಕರು ಪರಿಚಯದವರಿಗೆ ಬಾಯಿಮಾತಿನಲ್ಲಿ ಒಪ್ಪಿಕೊಂಡ ಚಿಕ್ಕ ಕೆಲಸವೂ ಅದರಲ್ಲಿ ಇರಬೇಕು, ಏಕೆಂದರೆ ಅದೂ ಅದೇ ಎಂಜಿನಿಯರ್‌ಗಳ ದಿನಗಳನ್ನು ತಿನ್ನುತ್ತದೆ. ಎರಡನೆಯದು, ಹಲವು ಪ್ರಾಜೆಕ್ಟುಗಳಿಗೆ ಸಾಮಾನ್ಯವಾಗಿ ಬೇಕಾದ ಜನರ ಕ್ಯಾಲೆಂಡರ್. ಐವತ್ತೈದು ಜನರದೂ ಬೇಕಿಲ್ಲ, ಎಲ್ಲರೂ ಕಾಯುವ ಆ ಇಬ್ಬರದ್ದು ಇದ್ದರೆ ಸಾಕು. ಮೂರನೆಯದು, ಯಾವುದು ಮೊದಲು ಎಂಬ ತೀರ್ಮಾನಕ್ಕೆ ಬೇಕಾದ ಲೆಕ್ಕವನ್ನು ಮಾಲೀಕರ ಮುಂದಿಡುವುದು.

ಈ ತೀರ್ಮಾನದಲ್ಲಿ ಎಷ್ಟು ಹಣ ಅಡಗಿದೆ ಎಂಬುದು ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಒಬ್ಬ ಎಂಜಿನಿಯರ್ ಕೈಯಲ್ಲಿ ಮೂರು ಯಂತ್ರಗಳ ಪ್ರೋಗ್ರಾಂ ಇದೆ, ತಲಾ 3 ವಾರ ಎಂದುಕೊಳ್ಳಿ. ಮೂವರು ಗ್ರಾಹಕರನ್ನೂ ಸಮಾಧಾನಪಡಿಸಲು ಆತ ವಾರಕ್ಕೊಂದರಂತೆ ಸರದಿಯಲ್ಲಿ ಮುಟ್ಟುತ್ತಾ ಹೋದರೆ ಅವು ಮುಗಿಯುವುದು 7, 8 ಮತ್ತು 9ನೇ ವಾರದ ಕೊನೆಗೆ. ಒಂದನ್ನು ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕಿದರೆ 3, 6 ಮತ್ತು 9ಕ್ಕೆ. ಕೊನೆಯ ಯಂತ್ರ ಒಂದು ದಿನವೂ ತಡವಾಗಲಿಲ್ಲ, ಮೊದಲನೆಯದು ನಾಲ್ಕು ವಾರ, ಎರಡನೆಯದು ಎರಡು ವಾರ ಬೇಗ ಮುಗಿದವು. ಯಂತ್ರವೊಂದರ ಬೆಲೆ 40 ಲಕ್ಷ, ತಪಾಸಣೆಯ ನಂತರ ಸಿಗುವ ಕಂತು ಶೇ 60 ಎಂದಾದರೆ, 24 ಲಕ್ಷ ರೂಪಾಯಿ ಒಂದು ತಿಂಗಳು ಮೊದಲೇ ಕೈಸೇರುತ್ತದೆ. ಬಿಡಿಭಾಗಗಳನ್ನು ಸಾಲದಲ್ಲಿ ತಂದು ಯಂತ್ರ ಕಟ್ಟುವ ಕಂಪನಿಗೆ ಇದು ಸಂಬಳದ ದಿನ ನಿರಾಳವಾಗಿರುವಷ್ಟು ವ್ಯತ್ಯಾಸ.

ಮೂರರಲ್ಲಿ ಯಾವುದನ್ನು ಮೊದಲು ಎತ್ತಿಕೊಳ್ಳಬೇಕು? ಜೋರಾಗಿ ಫೋನ್ ಮಾಡುವ ಗ್ರಾಹಕರದ್ದು ಎಂಬುದು ಬಹುತೇಕ ಕಡೆ ನಡೆಯುವ ರೀತಿ. ಪಿಎಂಓ ಅದರ ಬದಲು ಎರಡು ಸಂಗತಿ ಕೇಳುತ್ತದೆ: ಒಂದು ವಾರ ತಡವಾದರೆ ಯಾವುದರಲ್ಲಿ ಎಷ್ಟು ನಷ್ಟ, ಮತ್ತು ಪ್ರೋಗ್ರಾಂ ಬರೆಯಲು ಯಾವ ಯಂತ್ರ ನಿಜವಾಗಿಯೂ ಸಿದ್ಧವಿದೆ. ಪ್ಯಾನೆಲ್ ವೈರಿಂಗ್ ಮುಗಿಯದ ಯಂತ್ರದ ಮುಂದೆ ಎಂಜಿನಿಯರನ್ನು ಕೂರಿಸಿದರೆ ಆ ವಾರ ವ್ಯರ್ಥ.

ನಾಲ್ಕನೆಯ ಕೆಲಸ ಪ್ರಗತಿಯ ನಿಜವಾದ ಚಿತ್ರ ಕೊಡುವುದು. ‘ಶೇ 90 ಮುಗಿದಿದೆ’ ಎಂಬ ಮಾತು ಐದು ವಾರ ಸತತವಾಗಿ ಕೇಳಿಬರುವುದುಂಟು. ಹೇಳುವವರು ಸುಳ್ಳುಗಾರರಲ್ಲ, ಉಳಿದ ಕೆಲಸ ಚಿಕ್ಕದಾಗಿ ಕಾಣುತ್ತದೆ ಅಷ್ಟೆ. ಆದ್ದರಿಂದ ಒಳ್ಳೆಯ ಪಿಎಂಓ ಶೇಕಡಾವಾರು ಕೇಳುವುದಿಲ್ಲ. ಡ್ರಾಯಿಂಗಿಗೆ ಗ್ರಾಹಕರ ಸಹಿ ಬಂತೇ, ಪ್ಯಾನೆಲಿಗೆ ವಿದ್ಯುತ್ ಕೊಟ್ಟು ನೋಡಿದಿರೇ, ಯಂತ್ರ ನಿಲ್ಲದೆ ಒಂದು ಪೂರ್ತಿ ಸುತ್ತು ಓಡಿತೇ ಎಂದು ಕೇಳುತ್ತದೆ. ಹೌದು ಅಥವಾ ಇಲ್ಲ, ನಡುವಿನ ಉತ್ತರ ಇಲ್ಲ. ನಡುವೆ ಗ್ರಾಹಕರು ‘ಇನ್ನೊಂದು ಸೆನ್ಸರ್ ಸೇರಿಸಿಬಿಡಿ’ ಎಂದರೆ ಅದಕ್ಕೆಷ್ಟು ದಿನ, ಎಷ್ಟು ಹಣ ಎಂದು ಬರೆದು ಒಪ್ಪಿಗೆ ಪಡೆಯುವ ಪದ್ಧತಿಯನ್ನೂ ಅದೇ ನೋಡಿಕೊಳ್ಳುತ್ತದೆ. ಯಂತ್ರ ಹೋದ ಮೇಲೆ ಅಂದಾಜು 3 ವಾರವಿದ್ದದ್ದು ನಿಜದಲ್ಲಿ ಎಷ್ಟಾಯಿತು ಎಂದು ದಾಖಲಿಸುತ್ತದೆ. ಮುಂದಿನ ಕೊಟೇಶನ್ನಿಗೆ ಇದಕ್ಕಿಂತ ಒಳ್ಳೆಯ ಆಧಾರವಿಲ್ಲ.

ಅಧಿಕಾರ ಇಲ್ಲದಿದ್ದರೆ

ಪಿಎಂಓಗಳಲ್ಲಿ ಮೂರು ಬಗೆ ಎಂದು ಈ ಕ್ಷೇತ್ರದವರು ಹೇಳುತ್ತಾರೆ. ನಮೂನೆ, ಸಲಹೆ ಕೊಟ್ಟು ನೆರವಾಗುವುದು ಒಂದು ಬಗೆ. ನಿಗದಿತ ಪದ್ಧತಿ ಪಾಲಿಸುವಂತೆ ನಿಯಂತ್ರಿಸುವುದು ಇನ್ನೊಂದು. ಪ್ರಾಜೆಕ್ಟ್ ಮ್ಯಾನೇಜರ್‌ಗಳನ್ನೇ ತನ್ನ ಕೈಕೆಳಗೆ ಇಟ್ಟುಕೊಂಡು ನಡೆಸುವುದು ಮೂರನೆಯದು. ಯಾವ ಬಗೆಯದೇ ಆಗಲಿ, ಅದು ತಂದಿಟ್ಟ ಲೆಕ್ಕದ ಮೇಲೆ ತೀರ್ಮಾನ ಆಗದಿದ್ದರೆ ಅದು ವರದಿ ಸಂಗ್ರಹಿಸುವ ಕಚೇರಿಯಾಗಿ ಉಳಿಯುತ್ತದೆ.

ಇತಿಹಾಸದಲ್ಲಿ ಇದಕ್ಕೊಂದು ಪ್ರಸಿದ್ಧ ಪ್ರಸಂಗವಿದೆ. ಅಮೆರಿಕದ ನೌಕಾಪಡೆ 1955ರಲ್ಲಿ ಅಡ್ಮಿರಲ್ ವಿಲಿಯಂ ರೇಬರ್ನ್ ನೇತೃತ್ವದಲ್ಲಿ ತೆರೆದ ‘ಸ್ಪೆಷಲ್ ಪ್ರಾಜೆಕ್ಟ್ಸ್ ಆಫೀಸ್’ ಮುಂದೆ ಜಲಾಂತರ್ಗಾಮಿಯಿಂದ ಹಾರಿಸುವ ಪೊಲಾರಿಸ್ ಕ್ಷಿಪಣಿಯನ್ನು ರೂಪಿಸಿತು. ಪ್ರಾಜೆಕ್ಟ್ ಯೋಜನೆಯ ಪಠ್ಯಗಳಲ್ಲಿ ಇಂದಿಗೂ ಬರುವ ‘ಪರ್ಟ್’ ಎಂಬ ನಕ್ಷೆಯ ವಿಧಾನ 1958ರಲ್ಲಿ ರೂಪುಗೊಂಡದ್ದು ಅಲ್ಲಿಯೇ. 1960ರಲ್ಲಿ ಕ್ಷಿಪಣಿ ನೀರೊಳಗಿನಿಂದ ಹಾರಿದಾಗ ಪರ್ಟ್‌ಗೆ ಭಾರಿ ಕೀರ್ತಿ ಬಂತು. ಆದರೆ ಹಾರ್ವೆ ಸಪೋಲ್ಸ್ಕಿ ಎಂಬ ವಿದ್ವಾಂಸರು ಆ ಕಾರ್ಯಕ್ರಮವನ್ನು ಕೂಲಂಕಷವಾಗಿ ಅಧ್ಯಯನ ಮಾಡಿ 1972ರಲ್ಲಿ ಬರೆದ ಪುಸ್ತಕದಲ್ಲಿ ಬೇರೆಯೇ ಮಾತು ಹೇಳಿದರು. ಗೆಲುವಿಗೆ ಕಾರಣ ನಕ್ಷೆಗಳಲ್ಲ, ಆ ಕಚೇರಿಗೆ ಸಿಕ್ಕಿದ್ದ ಬೆಂಬಲ ಮತ್ತು ಸ್ವಾತಂತ್ರ್ಯ. ಹೊರಗಿನವರು ಕೈ ಹಾಕದಂತೆ ತಡೆಯಲು ನಕ್ಷೆಗಳು ಗುರಾಣಿಯಾಗಿದ್ದವು ಎಂಬುದು ಅವರ ವಾದ. ನಕ್ಷೆ, ಸಾಫ್ಟ್‌ವೇರ್ ಕೊಂಡು ತಂದ ಮಾತ್ರಕ್ಕೆ ಪಿಎಂಓ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನಿಮ್ಮಲ್ಲಿ ಹೀಗಾಗಿದೆಯೇ ಎಂದು ತಿಳಿಯುವುದು ಸುಲಭ. ಕಳೆದ ತಿಂಗಳ ವರದಿಗಳಿಂದಾಗಿ ಬದಲಾದ ಒಂದು ತೀರ್ಮಾನವನ್ನು ಹೆಸರಿಸಿ ಎಂದು ಕೇಳಿ. ಒಂದೂ ನೆನಪಿಗೆ ಬರದಿದ್ದರೆ, ಆ ವರದಿ ಬರೆಯಲು ಎಂಜಿನಿಯರ್‌ಗಳು ಕಳೆದ ಗಂಟೆಗಳು ದಂಡ.

ಯಾರಿಗೆ ಬೇಡ, ಯಾರಿಗೆ ಬೇಕು

ಜನರ ಸಂಖ್ಯೆ ಇಲ್ಲಿ ಅಳತೆಗೋಲಲ್ಲ. ಒಂದೇ ತಂಡ, ಒಂದೇ ದೊಡ್ಡ ಪ್ರಾಜೆಕ್ಟ್ ಇದ್ದರೆ ಒಳ್ಳೆಯ ಪ್ರಾಜೆಕ್ಟ್ ಮ್ಯಾನೇಜರ್ ಸಾಕು. ಒಂದೇ ವಸ್ತುವನ್ನು ಮತ್ತೆ ಮತ್ತೆ ತಯಾರಿಸುವ ಇನ್ನೂರು ಜನರ ಕಾರ್ಖಾನೆಗೆ ಬೇಕಿರುವುದು ಪ್ರೊಡಕ್ಷನ್ ಪ್ಲಾನಿಂಗ್, ಪಿಎಂಓ ಅಲ್ಲ. ಬೇರೆ ಬೇರೆ ಪ್ರಾಜೆಕ್ಟುಗಳಿಗೆ ಬೇರೆ ಬೇರೆ ತಂಡಗಳೇ ಇದ್ದು, ಒಬ್ಬರ ಹಾದಿಗೆ ಒಬ್ಬರು ಅಡ್ಡ ಬರದಿದ್ದರೂ ಅದರ ಅಗತ್ಯ ಅಷ್ಟಿಲ್ಲ.

ಬೇಕಾಗುವುದು ಒಂದೇ ಕೌಶಲದ ಕೆಲವೇ ಜನರ ಮೇಲೆ ಹಲವು ಪ್ರಾಜೆಕ್ಟುಗಳು ನಿಂತಾಗ, ಮತ್ತು ಆ ಜಗಳ ಪ್ರತಿ ವಾರ ಮಾಲೀಕರ ಕೋಣೆಗೆ ಬರತೊಡಗಿದಾಗ. ಮೂರು ನಾಲ್ಕು ಪ್ರಾಜೆಕ್ಟ್ ಇರುವವರೆಗೆ ಮಾಲೀಕರು ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳುತ್ತಾರೆ, ಅಂದರೆ ಅವರೇ ಪಿಎಂಓ. ಒಬ್ಬ ಗ್ರಾಹಕರಿಗೆ ಡಿಸ್ಪ್ಯಾಚ್ ತಾರೀಕು ಹೇಳಲು ಅವರು ನಾಲ್ಕು ಜನಕ್ಕೆ ಫೋನ್ ಮಾಡಬೇಕಾಗಿ ಬಂದ ದಿನ ಲೆಕ್ಕ ತಲೆಯಿಂದ ಹೊರಗೆ ಹೋಗಿದೆ ಎಂದರ್ಥ.

ಆಗಲೂ ಹೊಸ ವಿಭಾಗ ತೆರೆಯಬೇಕಿಲ್ಲ. ಮೇಲಿನ ಕಂಪನಿಗೆ ಬೇಕಾದದ್ದು ಅರ್ಧ ದಿನ ಈ ಕೆಲಸ ಮಾಡುವ ಒಬ್ಬ ವ್ಯಕ್ತಿ, ಒಂದು ಸ್ಪ್ರೆಡ್‌ಶೀಟ್, ವಾರಕ್ಕೊಂದು ಮುಕ್ಕಾಲು ಗಂಟೆಯ ಸಭೆ. ಆ ವ್ಯಕ್ತಿ ಯಾವ ಪ್ರಾಜೆಕ್ಟಿನ ಮುಖ್ಯಸ್ಥರೂ ಆಗಿರಬಾರದು, ಆಗಿದ್ದರೆ ತಮ್ಮದೇ ಮೊದಲು ಎನಿಸುವುದು ಸಹಜ. ಸಭೆಯಲ್ಲಿ ಮಾಲೀಕರು ಇರಲೇಬೇಕು. ಮಾರಾಟದವರು ಆ ಹಾಳೆ ನೋಡದೆ ಯಾರಿಗೂ ತಾರೀಕು ಕೊಡಕೂಡದು.

ಇಷ್ಟಿದ್ದರೆ ಆ 11 ವಾರದ ಕೊರತೆ ಹತ್ತನೇ ವಾರದ ಬದಲು ಮೊದಲ ವಾರವೇ ಕಾಣುತ್ತದೆ, ಆಗ ದಾರಿಗಳೂ ಇರುತ್ತವೆ. ಎರಡು ಯಂತ್ರಗಳ ಪ್ರೋಗ್ರಾಮನ್ನು ಹೊರಗಿನವರಿಂದ ಬರೆಸಿದರೆ 6 ವಾರ ಉಳಿಯಿತು. ಒಬ್ಬ ಗ್ರಾಹಕರ ಶೆಡ್ಡೇ ಇನ್ನೂ ಸಿದ್ಧವಿಲ್ಲ ಎಂದು ತಿಳಿದು ಅವರ ಯಂತ್ರವನ್ನು ಒಪ್ಪಿಗೆಯಿಂದ ಮುಂದೂಡಿದರೆ ಇನ್ನು 5. ಬೇಕಾದದ್ದು 19, ಇರುವುದೂ 19. ಎಳ್ಳಷ್ಟೂ ಬಿಡುವಿಲ್ಲ, ಹಾಗಾಗಿ ಈ 12 ವಾರದಲ್ಲಿ ಹೊಸ ಆರ್ಡರಿಗೆ ಜಾಗವಿಲ್ಲ ಎಂಬುದೂ ಅದೇ ಹಾಳೆಯಿಂದ ತಿಳಿಯಿತು.

ಪಿಎಂಓ ಹೊಸ ಎಂಜಿನಿಯರನ್ನು ಸೃಷ್ಟಿಸಲಾರದು. ಹಣ ಕೊಡದ ಗ್ರಾಹಕರಿಂದ ವಸೂಲಿ ಮಾಡಲಾರದು. ಇನ್ನೊಬ್ಬ ಪಿಎಲ್‌ಸಿ ಎಂಜಿನಿಯರ್ ಸೇರಿದ ಮೇಲೆ ಮೊತ್ತ ಸತತವಾಗಿ ಹೊಂದಿಕೊಂಡು ಬಂದರೆ ವಾರದ ಸಭೆಯನ್ನು ತಿಂಗಳಿಗೊಮ್ಮೆ ಮಾಡಬಹುದು. ಆದ್ದರಿಂದ ಪಿಎಂಓ ಬೇಕೇ ಎಂದು ಯೋಚಿಸುತ್ತಿರುವವರು ಸಲಹೆಗಾರರನ್ನು ಕರೆಸುವ ಮೊದಲು ಒಂದು ಮಧ್ಯಾಹ್ನ ಕೂತು, ಎಲ್ಲರೂ ಕಾಯುವ ಆ ಒಬ್ಬಿಬ್ಬರ ಮುಂದಿನ ಮೂರು ತಿಂಗಳ ಕೆಲಸವನ್ನು ಕೂಡಿಸಲಿ. ಮೊತ್ತ ಅವರ ದಿನಗಳೊಳಗೆ ಹಿಡಿದರೆ ಪಿಎಂಓ ಸದ್ಯಕ್ಕೆ ಬೇಡ. ಹಿಡಿಯದಿದ್ದರೆ, ಆ ಹಾಳೆಯನ್ನು ಪ್ರತಿ ವಾರ ತಿದ್ದುವ ಹೊಣೆಯನ್ನು ಒಬ್ಬರಿಗೆ ವಹಿಸಿ, ಅವರ ಲೆಕ್ಕಕ್ಕೆ ಮಾಲೀಕರೂ ಬದ್ಧರಾಗಬೇಕು.